ಹಾಲಿನ ಡೈರಿ ಆ್ಯಪ್‌ಗೆ ಕಾಟ್ಲಿನ್ನೋ ಫ್ಲಟರ್ರೋ: ಎರಡರಲ್ಲೂ ಮಾಡಿ ನೋಡಿದ್ದು

ನಮ್ಮದು ಸಣ್ಣ ಕಂಪನಿ. ಕೋಡ್ ಬರೆಯುವವರು ಇಬ್ಬರೇ. ಮೊದಲ ಆ್ಯಪ್ ಹಳ್ಳಿಯ ಹಾಲು ಸಂಗ್ರಹ ಕೇಂದ್ರಗಳಿಗೆ. ಬೆಳಗ್ಗೆ, ಸಂಜೆ ರೈತರು ಹಾಲು ತಂದಾಗ ಲೀಟರ್, ಫ್ಯಾಟ್, ಎಸ್‌ಎನ್‌ಎಫ್ ಅಂದರೆ ಕೊಬ್ಬು ಬಿಟ್ಟು ಉಳಿದ ಗಟ್ಟಿ ಅಂಶ ಹಾಕಿ, ರೇಟು ಲೆಕ್ಕ ಮಾಡಿ, ಕನ್ನಡದಲ್ಲಿ ಚೀಟಿ ಕೊಡಬೇಕು. ಅಲ್ಲಿ ನೆಟ್‌ವರ್ಕ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಕೇಂದ್ರದವರ ಕೈಯಲ್ಲಿರುವುದು ಕಡಿಮೆ ಬೆಲೆಯ ಆ್ಯಂಡ್ರಾಯ್ಡ್ ಫೋನು ಮತ್ತು ಬ್ಲೂಟೂತ್‌ನ ಪುಟ್ಟ ಥರ್ಮಲ್ ಪ್ರಿಂಟರ್. ಇದೇ ಆ್ಯಪ್‌ನ ಮುಖ್ಯ ಭಾಗಗಳನ್ನು ಆ್ಯಂಡ್ರಾಯ್ಡ್‌ನ ಕಾಟ್ಲಿನ್ ಭಾಷೆಯಲ್ಲೂ, ಡಾರ್ಟ್ ಭಾಷೆಯಲ್ಲಿ ಬರೆಯುವ ಫ್ಲಟರ್‌ನಲ್ಲೂ ಮಾಡಿ ನೋಡಿದೆವು.

ಸ್ಕ್ರೀನ್ ಕಟ್ಟುವುದರಲ್ಲಿ ಫ್ಲಟರ್ ಮುಂದೆ, ಅದರಲ್ಲಿ ಅನುಮಾನ ಇಲ್ಲ. ಹಾಲು ಎಂಟ್ರಿ ಮಾಡುವ ಸ್ಕ್ರೀನಿನಲ್ಲಿ ಅಂಕಿಗಳು ದೊಡ್ಡದಾಗಿ ಕಾಣಬೇಕು, ಸಾಲಲ್ಲಿ ಜನ ನಿಂತಿರುವಾಗ ಬೆರಳು ತಪ್ಪು ಬಟನ್ ಮೇಲೆ ಬೀಳಬಾರದು. ಬಟನ್ನಿನ ಅಳತೆ ಬದಲಿಸಿ ಸೇವ್ ಮಾಡಿದ ತಕ್ಷಣ ಹಾಟ್ ರೀಲೋಡ್ ಅದನ್ನು ಫೋನಿನಲ್ಲಿ ತೋರಿಸುತ್ತದೆ, ಟೈಪ್ ಮಾಡಿದ ಲೀಟರ್ ಹಾಗೇ ಉಳಿದಿರುತ್ತದೆ. ಫೋನನ್ನು ಕೇಂದ್ರದವರ ಕೈಗೇ ಕೊಟ್ಟು, ಅವರೆದುರಿಗೇ ಬದಲಿಸುತ್ತಾ ಹೋದೆವು. ಕಾಟ್ಲಿನ್‌ನ ಜೆಟ್‌ಪ್ಯಾಕ್ ಕಂಪೋಸ್‌ನಲ್ಲೂ ಕೋಡು ಹೆಚ್ಚು ಕಡಿಮೆ ಅಷ್ಟೇ ಚಿಕ್ಕದು. ಆದರೆ ದೊಡ್ಡ ಬದಲಾವಣೆಗೆ ಗ್ರೇಡಲ್ ಬಿಲ್ಡ್ ಮುಗಿಯುವವರೆಗೆ ಕಾಯಬೇಕು. ಹಳೆಯ ಲ್ಯಾಪ್‌ಟಾಪ್ ಇದ್ದರೆ ಆ ಕಾಯುವಿಕೆ ದಿನವೆಲ್ಲ ಕಾಡುತ್ತದೆ.

ವೇಗ ನೋಡುವಾಗ ಒಂದು ವಿಷಯ ನೆನಪಿರಲಿ. ಡೀಬಗ್ ಬಿಲ್ಡ್ ಇಟ್ಟುಕೊಂಡು ಎರಡನ್ನೂ ಹೋಲಿಸಬೇಡಿ. ಡೀಬಗ್‌ನಲ್ಲಿ ಫ್ಲಟರ್ ಆ್ಯಪ್ ಎಳೆದಾಡುತ್ತದೆ, ಕಂಪೋಸ್ ಕೂಡ ತಡವರಿಸುತ್ತದೆ. `flutter run --release` ಕೊಟ್ಟು ಕಡಿಮೆ ಬೆಲೆಯ ಫೋನಿನಲ್ಲೇ ನೋಡಿ. ನಮ್ಮ ಪಟ್ಟಿಗಳು, ಫಾರ್ಮುಗಳ ಮಟ್ಟಿಗೆ ಎರಡರಲ್ಲೂ ವ್ಯತ್ಯಾಸ ಕೈಗೆ ತಿಳಿಯಲಿಲ್ಲ.

ತೀರ್ಮಾನ ಆಗಿದ್ದು ಚೀಟಿಯಲ್ಲಿ.

ಇಂಗ್ಲಿಷ್ ಚೀಟಿ ಸುಲಭ. ಅಕ್ಷರಗಳನ್ನು ಕಳಿಸಿದರೆ ಪ್ರಿಂಟರ್ ತನ್ನದೇ ಫಾಂಟಿನಲ್ಲಿ ಅಚ್ಚು ಹಾಕುತ್ತದೆ, ಇಡೀ ಚೀಟಿ ಕೆಲವು ನೂರು ಬೈಟ್ ಅಷ್ಟೇ. ನಾವು ನೋಡಿದ ಪ್ರಿಂಟರುಗಳಲ್ಲಿ ಕನ್ನಡ ಫಾಂಟ್ ಇರಲಿಲ್ಲ. ಹಾಗಾಗಿ ಚೀಟಿಯನ್ನು ಫೋನಿನಲ್ಲೇ ಚಿತ್ರ ಮಾಡಿ ಕಳಿಸಬೇಕು. 58 ಮಿಲಿಮೀಟರ್ ಪೇಪರಿನಲ್ಲಿ ಅಚ್ಚಾಗುವ ಅಗಲ 48 ಮಿಲಿಮೀಟರ್. ಮಿಲಿಮೀಟರಿಗೆ 8 ಚುಕ್ಕಿಯಂತೆ ಒಂದು ಗೆರೆಗೆ 384 ಚುಕ್ಕಿ, ಅಂದರೆ 48 ಬೈಟ್. ಚೀಟಿ 8 ಸೆಂಟಿಮೀಟರ್ ಉದ್ದ ಇದ್ದರೆ 640 ಗೆರೆ, ಒಟ್ಟು 30,720 ಬೈಟ್. ಈ ಪ್ರಿಂಟರಿನ ಮೆಮೊರಿ ತುಂಬಾ ಚಿಕ್ಕದು. ಅಷ್ಟನ್ನೂ ಒಂದೇ ಸಲ ಸುರಿದರೆ ಅದು ನುಂಗಲಾರದೆ ನಡುವೆ ಕೆಲವು ಬೈಟ್ ಬಿಟ್ಟುಬಿಡುತ್ತದೆ.

ಹೀಗಾಗಿದೆ ಅಂತ ಗುರುತಿಸುವುದು ಸುಲಭ. ರೈತರ ಹೆಸರು, ಲೀಟರ್ ಚೆನ್ನಾಗಿ ಬಂದಿರುತ್ತದೆ. ಅಲ್ಲಿಂದ ಕೆಳಗೆ ಅಕ್ಷರ ಓರೆಯಾಗುತ್ತದೆ, ಆಮೇಲೆ ಅರ್ಥವಿಲ್ಲದ ಚಿಹ್ನೆಗಳ ಸಾಲು ಶುರು. ಒಂದು ಬೈಟ್ ತಪ್ಪಿದರೆ ಪ್ರಿಂಟರಿನ ಎಣಿಕೆ ಕೆಡುತ್ತದೆ, ಚಿತ್ರದ ಬೈಟುಗಳನ್ನೇ ಅಕ್ಷರ ಅಂದುಕೊಂಡು ಅಚ್ಚು ಹಾಕುತ್ತದೆ. ತಪ್ಪುವುದು ಮೊತ್ತ ಇರುವ ಕೊನೆಯ ಸಾಲೇ. ರೈತರು ಮೊದಲು ನೋಡುವುದೂ ಅದನ್ನೇ ಅಲ್ವಾ?

ಚಿತ್ರ ಬರೆಯುವುದರಲ್ಲಿ ಎರಡೂ ಸಮ. ಕಾಟ್ಲಿನ್‌ನಲ್ಲಿ `StaticLayout`, ಫ್ಲಟರ್‌ನಲ್ಲಿ `TextPainter`. ಒತ್ತಕ್ಷರಗಳು ಎರಡರಲ್ಲೂ ಸರಿಯಾಗಿ ಕೂಡುತ್ತವೆ. ವ್ಯತ್ಯಾಸ ಇರುವುದು ಕಳಿಸುವುದರಲ್ಲಿ. ಕಾಟ್ಲಿನ್‌ನಲ್ಲಿ ಬ್ಲೂಟೂತ್ ಸಾಕೆಟ್ ನೇರವಾಗಿ ನಮ್ಮ ಕೈಯಲ್ಲೇ ಇರುತ್ತದೆ. ಚಿತ್ರವನ್ನು 24 ಗೆರೆಗಳ ತುಂಡು ಮಾಡಿದೆವು, ತುಂಡಿಗೆ 1,152 ಬೈಟ್. ಪ್ರತಿ ತುಂಡಿನ ಮುಂದೆ ಅದರದೇ ಅಳತೆಯ ಕಮಾಂಡ್ ಇಟ್ಟು, ನಡುವೆ ಚೂರು ಬಿಡುವು ಕೊಟ್ಟೆವು:

```kotlin
for (slice in slices) {
    out.write(slice)
    out.flush()
    delay(40)
}
```

ಇಷ್ಟಕ್ಕೇ ಚೀಟಿ ಕೊನೆಯವರೆಗೆ ಶುದ್ಧವಾಗಿ ಬಂತು. 40 ಮಿಲಿಸೆಕೆಂಡ್ ಅನ್ನುವುದು ನಮ್ಮ ಪ್ರಿಂಟರಿಗೆ ಹೊಂದಿದ ಅಂಕಿ. ಬೇರೆ ಪ್ರಿಂಟರಿಗೆ ಜಾಸ್ತಿ ಬೇಕಾಗಬಹುದು.

ಫ್ಲಟರ್‌ಗೆ ಬ್ಲೂಟೂತ್ ತಾನಾಗಿ ಗೊತ್ತಿಲ್ಲ, ಅದಕ್ಕೆ ಪ್ಲಗಿನ್ ಹಾಕಬೇಕು. ಮೊದಲು ಹಾಕಿದ ಪ್ಲಗಿನ್ ಬಿಲ್ಡೇ ಆಗಲಿಲ್ಲ. `Namespace not specified` ಅಂತ ನಿಂತುಬಿಟ್ಟಿತು. ಆ್ಯಂಡ್ರಾಯ್ಡ್ ಗ್ರೇಡಲ್ ಪ್ಲಗಿನ್ 8ರಿಂದ ಪ್ರತಿ ಮಾಡ್ಯೂಲಿನ ಬಿಲ್ಡ್ ಫೈಲಿನಲ್ಲಿ ನೇಮ್‌ಸ್ಪೇಸ್ ಬರೆಯಲೇಬೇಕು, ಬಹಳ ದಿನ ಯಾರೂ ಮುಟ್ಟದ ಪ್ಲಗಿನ್‌ಗಳಲ್ಲಿ ಅದು ಇರುವುದಿಲ್ಲ. ಎರಡನೆಯದು ಬಿಲ್ಡ್ ಆಯಿತು, ಆದರೆ ಬೈಟುಗಳನ್ನೆಲ್ಲ ಒಟ್ಟಿಗೇ ಸುರಿಯುತ್ತಿತ್ತು. ಅದನ್ನು ಸರಿಪಡಿಸಲು ಪ್ಲಗಿನ್ನಿನ ಒಳಗಿನ ಆ್ಯಂಡ್ರಾಯ್ಡ್ ಕೋಡನ್ನೇ ತಿದ್ದಬೇಕು, ಇಲ್ಲವೇ `MethodChannel` ಇಟ್ಟು ಮೇಲಿನ ಕಾಟ್ಲಿನ್ ಕೋಡನ್ನೇ ಫ್ಲಟರ್ ಕೆಳಗೆ ಬರೆಯಬೇಕು. ಅದನ್ನೂ ಮಾಡಿದೆವು, ಕೆಲಸ ಮಾಡುತ್ತದೆ. ಆದರೆ ಆಗ ಡಾರ್ಟ್ ಜೊತೆಗೆ ಕಾಟ್ಲಿನ್ನೂ ಗೊತ್ತಿರಬೇಕು, ಎರಡರ ನಡುವಿನ ಸೇತುವೆಯನ್ನೂ ನೋಡಿಕೊಳ್ಳಬೇಕು. ಇಬ್ಬರೇ ಇರುವ ತಂಡಕ್ಕೆ ಇದು ಭಾರ.

ಸಿಂಕ್ ಮಾಡುವಾಗಲೂ ಇದೇ ಕಥೆ. ನೆಟ್‌ವರ್ಕ್ ಬಂದಾಗ ಎಂಟ್ರಿಗಳು ಸರ್ವರಿಗೆ ಹೋಗಬೇಕು. ಕಾಟ್ಲಿನ್‌ನಲ್ಲಿ ವರ್ಕ್‌ಮ್ಯಾನೇಜರ್‌ಗೆ ನೆಟ್‌ವರ್ಕ್ ಷರತ್ತು ಹಾಕಿದರೆ ಮುಗಿಯಿತು. ಫ್ಲಟರ್‌ನಲ್ಲಿ ಅದನ್ನೇ ಒಂದು ಪ್ಲಗಿನ್ ಕರೆಯುತ್ತದೆ. ಅದು ಕರೆಯುವ ಡಾರ್ಟ್ ಫಂಕ್ಷನ್ ಮೇಲೆ `@pragma('vm:entry-point')` ಬರೆಯದಿದ್ದರೆ ಡೀಬಗ್‌ನಲ್ಲಿ ಸರಿಯಾಗಿ ಓಡಿದ್ದು ರಿಲೀಸ್‌ನಲ್ಲಿ ಓಡದೇ ಹೋಗಬಹುದು. ಫೋನಿನ ಬ್ಯಾಟರಿ ಸೇವರ್ ಮಾತ್ರ ಎರಡಕ್ಕೂ ಒಂದೇ ಥರ ಅಡ್ಡ ಬರುತ್ತದೆ.

ಒಂದು ಸಲ ಬರೆದರೆ ಐಫೋನಿಗೂ ಆಯಿತು ಅನ್ನುವುದು ಫ್ಲಟರ್‌ನ ದೊಡ್ಡ ಆಕರ್ಷಣೆ. ನಮ್ಮ ಕೇಂದ್ರದ ಆ್ಯಪ್‌ಗೆ ಅದು ದಕ್ಕುವುದಿಲ್ಲ. ಈ ಪ್ರಿಂಟರುಗಳು ಮಾತಾಡುವುದು ಹಳೆಯ ಕ್ಲಾಸಿಕ್ ಬ್ಲೂಟೂತ್. ಆ್ಯಪಲ್‌ನ ಎಂಎಫ್ಐ ಒಪ್ಪಿಗೆ ಇಲ್ಲದ ಸಾಧನದ ಜೊತೆ ಐಫೋನ್ ಆ್ಯಪ್ ಅದರಲ್ಲಿ ಮಾತಾಡಲು ಆಗುವುದಿಲ್ಲ. ಬಿಎಲ್ಇ ಅನ್ನುವ ಹೊಸ ಥರದ ಬ್ಲೂಟೂತ್ ಇರುವ ಪ್ರಿಂಟರ್ ಬೇಕು, ಅದಕ್ಕೆ ಬೇರೆಯದೇ ಕೋಡು. ಮೇಲಾಗಿ ಆ್ಯಪಲ್‌ಗೆ ವರ್ಷಕ್ಕೆ 99 ಡಾಲರ್, ಬಿಲ್ಡ್ ಮಾಡಲು ಮ್ಯಾಕ್. ಪ್ಲೇ ಸ್ಟೋರಿಗೆ 25 ಡಾಲರ್ ಒಂದೇ ಸಲ ಕಟ್ಟಿದರೆ ಆಯಿತು. ನಾವು ಹೋದ ಕೇಂದ್ರಗಳಲ್ಲಿ ಐಫೋನ್ ಇಟ್ಟುಕೊಂಡವರು ಒಬ್ಬರೂ ಇರಲಿಲ್ಲ. ಸುಮ್ನೆ ಯಾಕೆ ಆ ಖರ್ಚು?

ಹಾಗಾಗಿ ಕೇಂದ್ರದ ಆ್ಯಪ್ ಕಾಟ್ಲಿನ್‌ನಲ್ಲೇ ಆಯಿತು. ಮುಂದೆ ಐಫೋನ್ ಬೇಕಾದರೂ ದಾರಿ ಮುಚ್ಚಿಲ್ಲ. ಕಾಟ್ಲಿನ್ ಮಲ್ಟಿಪ್ಲಾಟ್‌ಫಾರ್ಮ್ 2023ರ ನವೆಂಬರ್‌ನಿಂದ ಸ್ಟೇಬಲ್ ಆಗಿದೆ, ರೇಟು ಲೆಕ್ಕದ ಕೋಡನ್ನು ಅಲ್ಲಿಗೂ ಒಯ್ಯಬಹುದು.

ರೈತರ ಪಾಸ್‌ಬುಕ್ ಆ್ಯಪ್ ಮಾತ್ರ ಬೇರೆ. ಅದರಲ್ಲಿ ಪ್ರಿಂಟರ್ ಇಲ್ಲ, ಬಿಲ್ಲು, ದಿನದ ಹಾಲು, ಪೇಮೆಂಟು ತೋರಿಸಿದರೆ ಸಾಕು. ಊರಲ್ಲಿ ಹಸು ಸಾಕಿಸಿ, ಬೆಂಗಳೂರಲ್ಲಿ ಕೂತು ಐಫೋನಿನಲ್ಲಿ ಲೆಕ್ಕ ನೋಡುವ ಮಕ್ಕಳೂ ಇದ್ದಾರೆ. ಇದಕ್ಕೆ ಫ್ಲಟರ್ ಇಟ್ಟುಕೊಂಡೆವು. ಎಪಿಕೆಯನ್ನು ವಾಟ್ಸಾಪ್‌ನಲ್ಲಿ ಹಂಚುವುದಾದರೆ `flutter build apk --split-per-abi` ಕೊಡಿ. ಇಲ್ಲದಿದ್ದರೆ ಬೇರೆ ಬೇರೆ ಪ್ರೊಸೆಸರುಗಳ ಕೋಡೆಲ್ಲ ಒಂದೇ ಫೈಲಿನಲ್ಲಿ ತುಂಬಿ ಅದು ದಪ್ಪಗಾಗುತ್ತದೆ. ಈ ಆ್ಯಪ್‌ನಲ್ಲಿ ರೇಟಿನ ಲೆಕ್ಕ ಇಟ್ಟಿಲ್ಲ. ಕೇಂದ್ರದ ಆ್ಯಪ್ ಲೆಕ್ಕ ಮಾಡಿ ಸರ್ವರಿಗೆ ಕಳಿಸಿದ ಮೊತ್ತವನ್ನೇ ಇದು ತೋರಿಸುತ್ತದೆ. ಅದೇ ಲೆಕ್ಕವನ್ನು ಡಾರ್ಟ್‌ನಲ್ಲೂ ಬರೆದು ಪೈಸೆ ರೌಂಡ್ ಮಾಡುವುದರಲ್ಲಿ ಚೂರು ಹೆಚ್ಚುಕಮ್ಮಿಯಾದರೂ, ಚೀಟಿಯಲ್ಲಿ ಒಂದು ಮೊತ್ತ, ಫೋನಿನಲ್ಲಿ ಇನ್ನೊಂದು ಕಾಣುತ್ತದೆ.