ಆ್ಯಪ್ ಹಾಕಲಾಗದ ಟ್ಯಾಬ್, ಕ್ರೋಮ್‌ಬುಕ್‌ನಿಂದ ಪ್ರಿಂಟ್: ವರ್ಷ ದಾಟಿದ ಬಳಕೆಯ ನಂತರ

ನಮ್ಮ ಮನೆಯಲ್ಲಿ ಪ್ರಿಂಟ್ ಹೋಗುವುದು ಎರಡು ಕಡೆಯಿಂದ. ಒಂದು, ನನ್ನ ಟ್ಯೂಷನ್ ಕೆಲಸಕ್ಕೆ ಸಂಸ್ಥೆಯವರು ಕೊಟ್ಟಿರುವ ಆಂಡ್ರಾಯ್ಡ್ ಟ್ಯಾಬ್. ಇನ್ನೊಂದು, ಮಗನ ಶಾಲೆಯ ಕ್ರೋಮ್‌ಬುಕ್. ಎರಡರಲ್ಲೂ ಪ್ಲೇ ಸ್ಟೋರ್ ಮುಚ್ಚಿದೆ. ಪ್ರಿಂಟರ್ ಕಂಪನಿಯ ಆ್ಯಪ್ ಆಗಲಿ, ಡ್ರೈವರ್ ಆಗಲಿ ಹಾಕುವ ದಾರಿಯೇ ಇಲ್ಲ. ಅಂಗಡಿಯವರು ಮಾತ್ರ "ಮೇಡಂ, ಆ್ಯಪ್ ಹಾಕ್ಕೊಳ್ಳಿ, ಎಲ್ಲಾ ಅದರಲ್ಲೇ ಆಗುತ್ತೆ" ಎಂದು ಹೇಳಿ ಕಳಿಸಿದರು.

ನನ್ನ ಫೋನ್‌ನಲ್ಲಿ ಆ ಆ್ಯಪ್ ಹಾಕಬಹುದಿತ್ತು, ನಿಜ. ಆದರೆ ಪ್ರಶ್ನೆಪತ್ರಿಕೆ ಇರುವುದು ಟ್ಯಾಬ್‌ನಲ್ಲಿ. ದಿನವೂ ಫೋನ್‌ಗೆ ಕಳಿಸಿ, ಅಲ್ಲಿಂದ ಪ್ರಿಂಟ್ ಕೊಡುವುದು ನನಗೆ ಒಗ್ಗುವ ಕೆಲಸ ಅಲ್ಲ. ಹಾಗಾಗಿ ಆ್ಯಪ್ ಇಲ್ಲದೆಯೇ ಶುರು ಮಾಡಿದೆ. ವೈಫೈ ಇರುವ ಇಂಕ್ ಟ್ಯಾಂಕ್ ಪ್ರಿಂಟರ್ ಇದು. ಇಂಕ್ ಎಷ್ಟು ಪುಟ ಬರುತ್ತದೆ ಎನ್ನುವುದೆಲ್ಲಾ ಬೇರೆ ವಿಮರ್ಶೆಗಳಲ್ಲಿ ಸಿಗುತ್ತದೆ, ಅದನ್ನು ಬಿಡುತ್ತೇನೆ.

ಮೊದಲು ಪ್ರಿಂಟರನ್ನು ವೈಫೈಗೆ ಸೇರಿಸಬೇಕಲ್ಲ. ಇದಕ್ಕೆ ಡಬ್ಲ್ಯೂಪಿಎಸ್ ಸಾಕಾಯಿತು. ಪ್ರಿಂಟರಿನ ವೈಫೈ ಬಟನ್ ಒತ್ತಿ ಹಿಡಿದು, ಎರಡು ನಿಮಿಷದೊಳಗೆ ರೂಟರಿನ WPS ಬಟನ್ ಒತ್ತಿದರೆ ಎರಡೂ ತಾವೇ ಮಾತಾಡಿಕೊಳ್ಳುತ್ತವೆ. ರೂಟರಿನ ವೈಫೈ ಭದ್ರತೆ WPA3 ಮಾತ್ರ ಎಂದು ಸೆಟ್ ಆಗಿದ್ದರೆ ಇದು ನಡೆಯುವುದಿಲ್ಲ, WPA2 ಕೂಡ ಬಿಡಬೇಕು. ಪ್ರಿಂಟರಿಗೆ ಚಿಕ್ಕ ಪರದೆ ಇದ್ದರೆ ಇನ್ನೂ ಸುಲಭ, ಪಾಸ್‌ವರ್ಡ್ ಅಲ್ಲೇ ಟೈಪ್ ಮಾಡಬಹುದು. ಕೊಳ್ಳುವಾಗ ಇದನ್ನು ನೋಡಿ. ಆ್ಯಪ್ ಮತ್ತು ಆನ್‌ಲೈನ್ ಅಕೌಂಟ್ ಇಲ್ಲದೆ ಸೆಟಪ್ಪೇ ಮುಗಿಯದ ಮಾಡೆಲ್‌ಗಳೂ ಇವೆ. ನಮ್ಮಂಥವರಿಗೆ ಅವು ಬೇಡ.

ಅದಾದ ಮೇಲೆ ಆದದ್ದು ನಿಜವಾಗಿ ಖುಷಿ ಕೊಟ್ಟಿತು. ಟ್ಯಾಬ್‌ನಲ್ಲಿ ಪಿಡಿಎಫ್ ತೆರೆದು Print ಒತ್ತಿದೆ, ಪ್ರಿಂಟರಿನ ಹೆಸರು ಪಟ್ಟಿಯಲ್ಲಿ ಇತ್ತು. ಅಷ್ಟೇ. ಆಂಡ್ರಾಯ್ಡ್ 8ರಿಂದ Default Print Service ಎನ್ನುವುದು ಒಳಗೇ ಬರುತ್ತದೆ. ಕ್ರೋಮ್‌ಬುಕ್‌ನಲ್ಲೂ ಅದೇ ಕೆಲಸಕ್ಕೆ CUPS ಇದೆ. ಎರಡೂ ಪ್ರಿಂಟರಿನ ಜೊತೆ ಐಪಿಪಿ ಎನ್ನುವ ಒಂದೇ ಭಾಷೆಯಲ್ಲಿ ಮಾತಾಡುತ್ತವೆ. ನಿನಗೆ A4 ಬರುತ್ತದಾ, ಬಣ್ಣ ಬರುತ್ತದಾ, ಎರಡೂ ಬದಿ ಬರುತ್ತದಾ ಎಂದು ಪ್ರಿಂಟರನ್ನೇ ಕೇಳುತ್ತವೆ. ಅದು ಹೇಳಿದ್ದನ್ನೇ ನಮ್ಮ ಪರದೆಯಲ್ಲಿ ಆಯ್ಕೆಗಳಾಗಿ ತೋರಿಸುತ್ತವೆ. ಅದಕ್ಕೇ ಕಂಪನಿಯ ಡ್ರೈವರ್ ಬೇಕಾಗುವುದಿಲ್ಲ. ಪೆಟ್ಟಿಗೆಯ ಮೇಲೆ ಮೋಪ್ರಿಯಾ ಅಥವಾ ಏರ್‌ಪ್ರಿಂಟ್ ಗುರುತು ಇದ್ದರೆ ಬಹುಮಟ್ಟಿಗೆ ಇದೇ ಅರ್ಥ.

ಕನ್ನಡ ಪ್ರಶ್ನೆಪತ್ರಿಕೆ ಹೇಗೆ ಬರುತ್ತದೋ ಎಂಬ ಭಯ ನನಗಿತ್ತು. ಒತ್ತಕ್ಷರ ಪಕ್ಕಕ್ಕೆ ಹಾರಿ, ದೀರ್ಘ ಬೇರೆಯಾಗಿ ಬಂದ ಪ್ರಿಂಟ್‌ಗಳನ್ನು ಹಿಂದೆ ಬಹಳ ನೋಡಿದ್ದೇನೆ. ಇಲ್ಲಿ ಒಂದು ಅಕ್ಷರವೂ ಕೆಟ್ಟಿಲ್ಲ. ಟ್ಯಾಬ್ ತನ್ನದೇ ಫಾಂಟ್‌ನಿಂದ ಪುಟವನ್ನು ಪೂರ್ತಿ ಜೋಡಿಸಿ, ಆಮೇಲೆ ಕಳಿಸುತ್ತದೆ. ಪ್ರಿಂಟರಿಗೆ ಕನ್ನಡ ಗೊತ್ತಿರಬೇಕಾಗಿಲ್ಲ. ಪರದೆಯಲ್ಲಿ ಸರಿ ಕಂಡರೆ ಕಾಗದದಲ್ಲೂ ಸರಿ.

ಈಗ ಇದು ನನ್ನ ಸಂಜೆಯ ಕೆಲಸದ ಭಾಗ. ಐದು ಗಂಟೆಗೆ ಮಕ್ಕಳು ಬರುವ ಮೊದಲು ಟ್ರೇ ಎಳೆದು, ಕಾಗದವನ್ನು ಒಮ್ಮೆ ಬೀಸಿ, ಅಂಚು ಕುಟ್ಟಿ ಸರಿ ಮಾಡಿ ಹಾಕುತ್ತೇನೆ. ಟ್ಯಾಬ್‌ನಲ್ಲಿ ಪ್ರತಿಗಳ ಸಂಖ್ಯೆ ಹಾಕಿ, ಬಣ್ಣ ಬಿಟ್ಟು Black & White ಮಾಡಿ ಬಟನ್ ಒತ್ತುತ್ತೇನೆ. ನಿದ್ದೆಯಲ್ಲಿದ್ದ ಪ್ರಿಂಟರ್ ಎದ್ದು ಮೊದಲ ಪುಟ ಕೊಡುವಷ್ಟರಲ್ಲಿ ಚಾಪೆ ಹಾಸಿ ಮುಗಿಯುತ್ತದೆ. ನಮ್ಮದಕ್ಕೆ ತಾನಾಗಿ ಎರಡೂ ಬದಿ ಬರುವುದಿಲ್ಲ. ಹಾಗಾಗಿ ದೊಡ್ಡ ನೋಟ್ಸ್ ಇದ್ದರೆ ಕ್ರೋಮ್‌ಬುಕ್‌ನಿಂದ ಕೊಡುತ್ತೇನೆ. ಅಲ್ಲಿ Pages ಹತ್ತಿರ Odd pages only, Even pages only ಇದೆ. ಬೆಸ ಪುಟ ಮುಗಿದ ಮೇಲೆ ಕಟ್ಟು ತಿರುಗಿಸಿ ಹಾಕಿ ಸಮ ಪುಟ ಕೊಟ್ಟರೆ ಕಾಗದದ ಖರ್ಚು ಅರ್ಧ. ಟ್ಯಾಬ್‌ನಲ್ಲಿ ಈ ಆಯ್ಕೆ ಇಲ್ಲ. ಪುಟದ ಸಂಖ್ಯೆಗಳನ್ನು ಒಂದೊಂದಾಗಿ ಬರೆಯಬೇಕು.

ಇಷ್ಟೇ ಆಗಿದ್ದರೆ ಐದು ನಕ್ಷತ್ರ ಕೊಟ್ಟು ಮುಗಿಸುತ್ತಿದ್ದೆ. ಆದರೆ ಈ ವ್ಯವಸ್ಥೆಗೆ ಒಂದು ಕೆಟ್ಟ ಗುಣ ಇದೆ. ಪ್ರಿಂಟರ್ ಪಟ್ಟಿಯಿಂದ ಮಾಯವಾಗುತ್ತದೆ. ಏಕೆ ಎಂದು ಹೇಳುವುದೂ ಇಲ್ಲ. ಪರದೆಯಲ್ಲಿ ಸುಮ್ನೆ ಹುಡುಕುತ್ತಾ ಇರುವ ಗುರುತು ತಿರುಗುತ್ತಿರುತ್ತದೆ. ಆ್ಯಪ್ ಇದ್ದವರಿಗೆ ತೊಂದರೆ ಹುಡುಕಿ ಹೇಳುವ ಒಂದು ಪುಟವಾದರೂ ಇರುತ್ತದೆ. ನಮಗೆ ಏನೂ ಇಲ್ಲ. ಹದಿನೈದು ಮಕ್ಕಳು ಕೂತು ಪರೀಕ್ಷೆಗೆ ಕಾಯುತ್ತಿರುವಾಗ ಇದು ಎಷ್ಟು ಸಿಟ್ಟು ತರಿಸುತ್ತದೆ ಎಂದು ಹೇಳಲಾರೆ.

ನಮ್ಮ ಮನೆಯಲ್ಲಿ ಇದಕ್ಕೆ ಇದ್ದ ಕಾರಣ ತುಂಬಾ ಮನೆಗಳಲ್ಲಿ ಇರಬಹುದು, ಅದಕ್ಕೇ ವಿವರವಾಗಿ ಬರೆಯುತ್ತೇನೆ. ಫೈಬರ್ ಕನೆಕ್ಷನ್ ಜೊತೆ ಬಂದ ರೂಟರ್ ಕೆಳಗೆ ಹಾಲ್‌ನಲ್ಲಿದೆ, ಪ್ರಿಂಟರ್ ಅದಕ್ಕೆ ಸೇರಿದೆ. ಮೇಲಿನ ಮಹಡಿಗೆ ಸಿಗ್ನಲ್ ಬರುವುದಿಲ್ಲ ಎಂದು ಇನ್ನೊಂದು ರೂಟರ್ ತಂದು, ಕೆಳಗಿನಿಂದ ಕೇಬಲ್ ಎಳೆಸಿ ಹಾಕಿಸಿದ್ದೆವು. ವೈಫೈ ಹೆಸರು, ಪಾಸ್‌ವರ್ಡ್ ಎರಡಕ್ಕೂ ಒಂದೇ. ಕೆಳಗೆ ಕೂತರೆ ಪ್ರಿಂಟರ್ ಕಾಣುತ್ತಿತ್ತು. ಪಾಠ ಮಾಡುವ ಮೇಲಿನ ಕೋಣೆಗೆ ಹೋದರೆ ಇಲ್ಲ.

ಸುಳಿವು ಸಿಕ್ಕಿದ್ದು ಅಡ್ರೆಸ್‌ನಲ್ಲಿ. ವೈಫೈ ಸೆಟ್ಟಿಂಗ್ಸ್‌ನಲ್ಲಿ ನೋಡಿದಾಗ ಕೆಳಗಿದ್ದ ಪ್ರಿಂಟರಿನ ಐಪಿ 192.168.1.50, ಮೇಲೆ ಟ್ಯಾಬ್‌ನದು 192.168.0.103. ಮೂರನೆಯ ಅಂಕಿ ಬೇರೆ. ಅಂದರೆ ಮೇಲಿನ ರೂಟರ್ ತನ್ನದೇ ಬೇರೆ ಜಾಲ ಕಟ್ಟಿಕೊಂಡಿತ್ತು. ಪ್ರಿಂಟರ್ "ನಾನಿಲ್ಲಿದ್ದೇನೆ" ಎಂದು ಎಂಡಿಎನ್‌ಎಸ್ ಮೂಲಕ ಸುತ್ತ ಸಾರುತ್ತದೆ. ಆ ಸಾರಣೆ ಒಂದು ಜಾಲದಿಂದ ಇನ್ನೊಂದಕ್ಕೆ ದಾಟುವುದಿಲ್ಲ. ಆದರೆ ಮೇಲಿನಿಂದ ಕೆಳಗಿನ ಅಡ್ರೆಸ್‌ಗೆ ನೇರವಾಗಿ ಹೋದರೆ ದಾರಿ ತೆರೆದೇ ಇರುತ್ತದೆ.

ಹಾಗಾಗಿ ಪ್ರಿಂಟರ್ ಕಾಣದಿದ್ದಾಗ ನಾನು ಮೊದಲು ಮಾಡುವುದು ಒಂದೇ. ಬ್ರೌಸರ್ ತೆರೆದು ಪ್ರಿಂಟರಿನ ಅಡ್ರೆಸ್ ಟೈಪ್ ಮಾಡುತ್ತೇನೆ:

```
http://192.168.1.50
```

ಪ್ರಿಂಟರಿನ ಪುಟ ತೆರೆದರೆ ದಾರಿ ಸರಿ ಇದೆ, ಸಾರಣೆ ಮಾತ್ರ ತಲುಪುತ್ತಿಲ್ಲ. ತೆರೆಯದಿದ್ದರೆ ಪ್ರಿಂಟರಿನ ಅಡ್ರೆಸ್ ಬದಲಾಗಿದೆ, ಅಥವಾ ನಾವು ಗೆಸ್ಟ್ ವೈಫೈನಲ್ಲಿ ಇದ್ದೇವೆ, ಇಲ್ಲವೇ ವೈಫೈ ಸಾಧನಗಳು ಒಂದನ್ನೊಂದು ಮುಟ್ಟದಂತೆ ತಡೆಯುವ AP Isolation ರೂಟರಿನಲ್ಲಿ ಆನ್ ಇದೆ. ಗೆಸ್ಟ್ ವೈಫೈನಲ್ಲಿರುವವರಿಗೆ ಸಾಮಾನ್ಯವಾಗಿ ಮನೆಯ ಬೇರೆ ಸಾಧನಗಳನ್ನು ಮುಟ್ಟಲು ಬಿಡುವುದಿಲ್ಲ.

ನಮ್ಮಲ್ಲಿ ಪುಟ ತೆರೆಯಿತು. ಆಮೇಲೆ ಟ್ಯಾಬ್‌ನಲ್ಲಿ Printing ಸೆಟ್ಟಿಂಗ್ಸ್‌ಗೆ ಹೋಗಿ, Default Print Service ಒಳಗೆ ಮೂರು ಚುಕ್ಕೆಯ ಮೆನುವಿನಿಂದ Add printer ಆರಿಸಿ, ಅದೇ ಅಡ್ರೆಸ್ ಕೊಟ್ಟೆ. ಕ್ರೋಮ್‌ಬುಕ್‌ನಲ್ಲಿ Print and scan ಒಳಗೆ Printers, ಅಲ್ಲಿ ಹೊಸ ಪ್ರಿಂಟರ್ ಸೇರಿಸುವಾಗ ಹೀಗೆ ತುಂಬಿದೆ:

```
Address:  192.168.1.50
Protocol: Internet Printing Protocol (IPP)
Queue:    ipp/print
```

ಇದನ್ನು ಸೇರಿಸುವಾಗ ಕ್ರೋಮ್‌ಬುಕ್ ತಯಾರಕರ ಹೆಸರು, ಮಾಡೆಲ್ ಆರಿಸಿ ಎಂದು ಕೇಳಿದರೆ ಎಚ್ಚರ. ಪ್ರಿಂಟರ್ ತನ್ನ ವಿವರ ತಾನೇ ಹೇಳಲಿಲ್ಲ ಎಂದು ಅರ್ಥ. Queue ತಪ್ಪಾಗಿರಬಹುದು, ಇಲ್ಲವೇ ಪ್ರಿಂಟರಿಗೆ ಡ್ರೈವರ್ ಬೇಕೇ ಬೇಕಿರಬಹುದು.

ಅಡ್ರೆಸ್ ಬದಲಾಗದಂತೆ ನೋಡಿಕೊಳ್ಳುವುದೂ ಮುಖ್ಯ. ಕರೆಂಟ್ ಹೋಗಿ ಬಂದಾಗ ರೂಟರ್ ಪ್ರಿಂಟರಿಗೆ ಬೇರೆ ನಂಬರ್ ಕೊಟ್ಟುಬಿಟ್ಟರೆ ಸೇರಿಸಿದ್ದೆಲ್ಲಾ ವ್ಯರ್ಥ. ರೂಟರಿನ ಪುಟದಲ್ಲಿ Address Reservation ಎಂದು ಇರುತ್ತದೆ. ಪ್ರಿಂಟರಿನ ಮ್ಯಾಕ್ ಅಡ್ರೆಸ್ಸನ್ನು, ಅಂದರೆ ಅದರ ಬದಲಾಗದ ಗುರುತಿನ ಸಂಖ್ಯೆಯನ್ನು, ಅಲ್ಲಿ ಒಂದು ಐಪಿಗೆ ಕಟ್ಟಿಹಾಕಬೇಕು. ಮ್ಯಾಕ್ ಅಡ್ರೆಸ್ ಪ್ರಿಂಟರೇ ಮುದ್ರಿಸಿ ಕೊಡುವ ನೆಟ್‌ವರ್ಕ್ ಪುಟದಲ್ಲಿ ಸಿಗುತ್ತದೆ.

ಬೇರುಸಹಿತ ಪರಿಹಾರ ಬೇಕಾದರೆ ಮೇಲಿನ ರೂಟರನ್ನು Access Point ಮೋಡ್‌ಗೆ ಹಾಕಬೇಕು. ಆಗ ಇಡೀ ಮನೆಗೆ ಒಂದೇ ಜಾಲ. ನಾವೂ ಕೊನೆಗೆ ಅದನ್ನೇ ಮಾಡಿಸಿದೆವು. ಅಲ್ಲಿಂದ ಈಚೆಗೆ ಪಟ್ಟಿಯಲ್ಲಿ ಹೆಸರು ತಾನಾಗಿಯೇ ಬರುತ್ತದೆ, ನನ್ನ ಸಿಟ್ಟೂ ಇಳಿದಿದೆ. ಐಪಿಯಿಂದ ಸೇರಿಸಿದ್ದನ್ನು ಮಾತ್ರ ತೆಗೆದಿಲ್ಲ, ಸಾರಣೆ ತಪ್ಪಿದ ದಿನ ಅದೇ ಕೈ ಹಿಡಿಯುತ್ತದೆ.

ಇನ್ನೊಂದು ಚಿಕ್ಕ ಕಿರಿಕಿರಿ ಕಾಗದದ ಅಳತೆ. ಟ್ರೇನಲ್ಲಿ A4 ಇದ್ದರೂ ಪ್ರಿಂಟರ್ ಬೇರೆ ಕಾಗದ ಹಾಕು ಎಂದು ದೀಪ ಮಿನುಗಿಸುತ್ತಾ ನಿಂತಿತು. ಪ್ರಿಂಟರಿನ ವೆಬ್ ಪುಟದಲ್ಲಿ ಟ್ರೇಯ ಅಳತೆ Letter ಎಂದಿತ್ತು, A4 ಮಾಡಿದ ಮೇಲೆ ಮತ್ತೆ ಬಂದಿಲ್ಲ. ಇಂಕ್ ಎಷ್ಟಿದೆ ಎಂದು ನೋಡುವುದು, ಹೆಡ್ ಕ್ಲೀನ್ ಮಾಡುವುದು, ಇದಕ್ಕೂ ನಾನು ಆ ಪುಟವನ್ನೇ ಬಳಸುತ್ತೇನೆ. ಆ್ಯಪ್‌ನ ಕೊರತೆ ಅಲ್ಲಿಗೆ ಬಹುಪಾಲು ತುಂಬಿತು.

ಸ್ಕ್ಯಾನ್ ವಿಷಯದಲ್ಲಿ ಕ್ರೋಮ್‌ಬುಕ್ ಮುಂದು. ಅದರಲ್ಲಿ Scan ಎಂಬ ಆ್ಯಪ್ ಮೊದಲೇ ಇದೆ, ನಮ್ಮ ಪ್ರಿಂಟರ್ ಅದರಲ್ಲಿ ತಾನಾಗಿ ಬಂತು. ಟ್ಯಾಬ್‌ನ ಪ್ರಿಂಟ್ ಸರ್ವೀಸ್ ಹೆಸರಿಗೆ ತಕ್ಕಂತೆ ಪ್ರಿಂಟ್ ಮಾತ್ರ ಮಾಡುತ್ತದೆ. ಮಕ್ಕಳ ಉತ್ತರಪತ್ರಿಕೆ ಸ್ಕ್ಯಾನ್ ಮಾಡಬೇಕಾದಾಗ ನಾನು ಮಗನ ಕ್ರೋಮ್‌ಬುಕ್ ಖಾಲಿಯಾಗುವವರೆಗೆ ಕಾಯುತ್ತೇನೆ.

ಶಾಲೆಯ ಕ್ರೋಮ್‌ಬುಕ್ ಇರುವವರಿಗೆ ಒಂದು ಮಾತು. ಪ್ರಿಂಟರ್ ಸೇರಿಸುವುದನ್ನೇ ಶಾಲೆಯವರು ತಡೆಯಬಹುದು. chrome://policy ಪುಟದಲ್ಲಿ UserPrintersAllowed ಎಂಬುದು false ಎಂದು ಇದ್ದರೆ ಮನೆಯಲ್ಲಿ ಏನು ಮಾಡಿದರೂ ಆಗದು, ಶಾಲೆಯವರನ್ನೇ ಕೇಳಬೇಕು. ನಮ್ಮವರು ತೆರೆದಿಟ್ಟಿದ್ದಾರೆ, ಪುಣ್ಯ.

ಕೊಳ್ಳುವವರಿಗೆ: ವೈಫೈ ಇಲ್ಲದೆ ಯುಎಸ್‌ಬಿ ಮಾತ್ರ ಇರುವ ಪ್ರಿಂಟರ್ ಸ್ವಲ್ಪ ಅಗ್ಗಕ್ಕೆ ಸಿಗುತ್ತದೆ. ಟ್ಯಾಬ್ ಇಟ್ಟುಕೊಂಡವರು ಆ ಉಳಿತಾಯಕ್ಕೆ ಆಸೆಪಡಬೇಡಿ. ಪುಟವನ್ನು ಜೋಡಿಸುವ ಕೆಲಸವನ್ನೆಲ್ಲಾ ಕಂಪ್ಯೂಟರಿನ ಡ್ರೈವರಿಗೆ ಬಿಟ್ಟಿರುವ ಹಳೆಯ ಅಗ್ಗದ ಲೇಸರ್‌ಗಳೂ ಹಾಗೇ, ಅವಕ್ಕೆ ಐಪಿಪಿ ಬರುವುದಿಲ್ಲ. ಅಂಥದ್ದು ಮನೆಯಲ್ಲಿ ಈಗಾಗಲೇ ಇದ್ದು, ಅದಕ್ಕೆ ಲಿನಕ್ಸ್ ಡ್ರೈವರ್ ಸಿಗುವುದಾದರೆ, ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿಗೆ ಜೋಡಿಸಿ CUPS ಮೂಲಕ ಹಂಚಿಕೊಳ್ಳಬಹುದು. ಆಗ ಟ್ಯಾಬ್‌ಗೆ ಅದು ಐಪಿಪಿ ಪ್ರಿಂಟರಿನಂತೆಯೇ ಕಾಣುತ್ತದೆ. ಪೈ ಬೆಲೆ, ಅದನ್ನು ಸದಾ ಆನ್ ಇಡುವ ಖರ್ಚು ಸೇರಿಸಿ ನೋಡಿದಾಗ ನನಗೆ ಹೊಸ ವೈಫೈ ಪ್ರಿಂಟರೇ ಸರಿ ಎನಿಸಿತು. ನಾಲ್ಕು ನಕ್ಷತ್ರ ಕೊಡುತ್ತೇನೆ. ಹಿಡಿದಿಟ್ಟ ಒಂದು, ಕಾಣದಿದ್ದಾಗ ಕಾರಣ ಹೇಳದ ಆ ಖಾಲಿ ಪಟ್ಟಿಗೆ.