ಗಾಜಿನ ಲೆನ್ಸೋ, ಫೈಬರ್ ಲೆನ್ಸೋ: ಮೈನಸ್ ನಾಲ್ಕರ ಕಣ್ಣಿಗೆ ಕಾಫಿ ತೋಟದಲ್ಲೊಂದು ಹೋಲಿಕೆ

ನನ್ನ ಎರಡೂ ಕಣ್ಣುಗಳ ಪವರ್ ಮೈನಸ್ ನಾಲ್ಕು, ಸಿಲಿಂಡರ್ ಇಲ್ಲ. ಸೋಮವಾರಪೇಟೆಯ ಕಡೆಯ ನಮ್ಮ ತೋಟದಲ್ಲಿ ಮಳೆಗಾಲದ ಮಂಜಿನಿಂದ ಹಿಡಿದು ಕಾಫಿ ಒಣಗಿಸುವ ಕಣದ ಧೂಳಿನವರೆಗೆ ಎಲ್ಲವನ್ನೂ ಕನ್ನಡಕದ ಮೂಲಕವೇ ನೋಡಬೇಕಾದವನು ನಾನು. ಗಾಜಿನಷ್ಟು ಸ್ಪಷ್ಟ ಬೇರೊಂದಿಲ್ಲ ಎಂದು ಹಿರಿಯರೂ, ಗಾಜಿನ ಕಾಲ ಮುಗಿಯಿತು ಎಂದು ಅಂಗಡಿಯವರೂ ಹೇಳುವುದನ್ನು ಬಹಳ ದಿನ ಕೇಳಿದ ಮೇಲೆ, ಐವತ್ತು ಮಿಲಿಮೀಟರ್ ಅಗಲದ ಒಂದೇ ಬಗೆಯ ದುಂಡು ಫ್ರೇಮುಗಳನ್ನು ತಂದು, ಒಂದಕ್ಕೆ ಗಾಜಿನ ಲೆನ್ಸನ್ನೂ ಇನ್ನೊಂದಕ್ಕೆ ಫೈಬರ್ ಲೆನ್ಸನ್ನೂ ಹಾಕಿಸಿ, ಒಂದು ಮಳೆಗಾಲ ಮತ್ತು ಒಂದು ಕೊಯ್ಲು ಪೂರ್ತಿ ಬದಲಾಯಿಸಿ ಬದಲಾಯಿಸಿ ಬಳಸಿದೆ. ನಡುವೆ ತೋಟದ ಕೆಲಸಕ್ಕೆಂದು ಪಾಲಿಕಾರ್ಬೊನೇಟಿನ ಮೂರನೆಯ ಜೊತೆಯೂ ಸೇರಿಕೊಂಡಿತು.

ನಮ್ಮ ಅಂಗಡಿಗಳಲ್ಲಿ ಫೈಬರ್ ಎಂದು ಮಾರುವುದು ಹೆಚ್ಚಾಗಿ ಸಿಆರ್-39 ಎಂಬ ಪ್ಲಾಸ್ಟಿಕ್. ಇದನ್ನು 1940ರ ಸುಮಾರಿಗೆ ರೂಪಿಸಿದ್ದು ಅಮೆರಿಕದ ಒಂದು ಗಾಜಿನ ಕಂಪನಿಯೇ, ಪಿಟ್ಸ್‌ಬರ್ಗ್ ಪ್ಲೇಟ್ ಗ್ಲಾಸ್. ಕನ್ನಡಕದ ಲೆನ್ಸಾಗಿ ಅದು ಬಳಕೆಗೆ ಬಂದದ್ದು 1947ರಲ್ಲಿ. ಪಾಲಿಕಾರ್ಬೊನೇಟ್ ಬೇರೆಯೇ ವಸ್ತು. ಈ ಎರಡನ್ನೂ ಪ್ಲಾಸ್ಟಿಕ್ ಎಂಬ ಒಂದೇ ಹೆಸರಿನಡಿ ಸೇರಿಸಿ ಗಾಜಿನ ಎದುರು ನಿಲ್ಲಿಸುವುದರಿಂದಲೇ ಅರ್ಧ ವಾದ ಹುಟ್ಟಿಕೊಂಡಿದೆ ಎಂಬುದು ನನ್ನ ಅಭಿಪ್ರಾಯ.

ಸ್ಪಷ್ಟತೆಯ ವಿಷಯದಲ್ಲಿ ಈ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ. ಲೆನ್ಸಿನ ನಟ್ಟನಡುವಿನಿಂದ ನೋಡುವಾಗ ಮೂರರಲ್ಲಿ ಯಾವುದು ಯಾವುದೆಂದು ನನಗೆ ಹೇಳಲು ಬರಲಿಲ್ಲ. ಬದಿಗೆ ಕಣ್ಣು ಹೊರಳಿಸಿದಾಗ ಮಾತ್ರ ಬೇರೆ ಕಥೆ. ಪ್ರತಿ ಲೆನ್ಸೂ ಬೆಳಕನ್ನು ಸ್ವಲ್ಪವಾದರೂ ಬಣ್ಣಗಳಾಗಿ ಒಡೆಯುತ್ತದೆ. ಎಷ್ಟು ಕಡಿಮೆ ಒಡೆಯುತ್ತದೆ ಎಂಬುದನ್ನು ಅಬ್ಬೆ ಸಂಖ್ಯೆ ಹೇಳುತ್ತದೆ. ಸಂಖ್ಯೆ ದೊಡ್ಡದಾದಷ್ಟು ಒಳ್ಳೆಯದು. ಕನ್ನಡಕಕ್ಕೆ ಬಳಸುವ ಸಾಮಾನ್ಯ ಕ್ರೌನ್ ಗಾಜಿಗೂ ಸಿಆರ್-39ಕ್ಕೂ ಅದು ಹೆಚ್ಚುಕಡಿಮೆ 58, ಪಾಲಿಕಾರ್ಬೊನೇಟಿಗೆ ಕೇವಲ 30. ಮೈನಸ್ ನಾಲ್ಕರ ಲೆನ್ಸಿನಲ್ಲಿ ನಡುವಿನಿಂದ ಒಂದು ಸೆಂಟಿಮೀಟರ್ ಬದಿಗೆ ನೋಡಿದರೆ ಅಲ್ಲಿ ಬೆಳಕು, ಬಾಗುವಿಕೆಯ ಅಳತೆಯಾದ ಪ್ರಿಸಮ್ ಡಯಾಪ್ಟರಿನಲ್ಲಿ ಹೇಳುವುದಾದರೆ, ನಾಲ್ಕರಷ್ಟು ಬಾಗುತ್ತದೆ. ಅದನ್ನು ಅಬ್ಬೆ ಸಂಖ್ಯೆಯಿಂದ ಭಾಗಿಸಿದರೆ ಗಾಜಿಗೂ ಫೈಬರಿಗೂ 0.07, ಪಾಲಿಕಾರ್ಬೊನೇಟಿಗೆ 0.13 ಬರುತ್ತದೆ. ಸುಮಾರು 0.1 ದಾಟಿದ ಮೇಲೆ ಬಣ್ಣದ ಅಂಚು ಕಣ್ಣಿಗೆ ತಾಗತೊಡಗುತ್ತದೆ ಎಂಬುದು ವಾಡಿಕೆಯ ಲೆಕ್ಕ. ಬೆಳ್ಳಗಿನ ಆಕಾಶದ ಎದುರು ನಿಂತ ಸಿಲ್ವರ್ ಓಕ್ ಮರದ ಕಾಂಡವನ್ನು ಪಾಲಿಕಾರ್ಬೊನೇಟಿನ ಬದಿಯಿಂದ ನೋಡಿದಾಗ ಒಂದು ಪಕ್ಕ ತೆಳು ನೀಲಿ, ಇನ್ನೊಂದು ಪಕ್ಕ ಹಳದಿಗೆಂಪು ಗೆರೆ ನನಗೆ ಕಂಡಿತು. ಗಾಜಿನಲ್ಲೂ ಸಿಆರ್-39ರಲ್ಲೂ ಹುಡುಕಿದರೂ ಸಿಗಲಿಲ್ಲ. ಆದ್ದರಿಂದ ಪ್ಲಾಸ್ಟಿಕ್ ಹಾಕಿಸಿ ಸ್ಪಷ್ಟತೆ ಹೋಯಿತು ಎನ್ನುವವರನ್ನು ಮೊದಲು ಕೇಳಬೇಕಾದದ್ದು, ಯಾವ ಪ್ಲಾಸ್ಟಿಕ್ ಎಂಬುದನ್ನು.

ಹೋಲಿಸುವಾಗ ಇನ್ನೊಂದು ಎಚ್ಚರಿಕೆಯೂ ಬೇಕು. ಲೇಪನವಿಲ್ಲದ ಲೆನ್ಸು, ಗಾಜಾಗಲಿ ಫೈಬರಾಗಲಿ, ಎರಡು ಮೈಗಳಲ್ಲೂ ಸೇರಿ ಸುಮಾರು ನೂರಕ್ಕೆ ಎಂಟರಷ್ಟು ಬೆಳಕನ್ನು ಪ್ರತಿಫಲಿಸಿಬಿಡುತ್ತದೆ. ನನ್ನ ಗಾಜಿನ ಜೋಡಿಗೆ ಪ್ರತಿಫಲನ ತಡೆಯುವ ಲೇಪನ ಇರಲಿಲ್ಲ, ಫೈಬರಿಗೆ ಇತ್ತು. ರಾತ್ರಿ ಮಡಿಕೇರಿಯಿಂದ ಬರುವಾಗ ತಿರುವುಗಳಲ್ಲಿ ಎದುರು ವಾಹನದ ದೀಪಕ್ಕೆ ಗಾಜಿನಲ್ಲಿ ಮಸುಕಾದ ಜೋಡಿ ದೀಪವೊಂದು ತೇಲುತ್ತಿತ್ತು, ಫೈಬರಿನಲ್ಲಿ ತೇಲುತ್ತಿರಲಿಲ್ಲ. ಇದು ಲೇಪನದ ಗುಣವೇ ಹೊರತು ಪ್ಲಾಸ್ಟಿಕ್ಕಿನದಲ್ಲ. ಗಾಜಿಗೂ ಅದೇ ಲೇಪನ ಹಾಕಿಸಬಹುದು.

ಗೀರಿನ ವಿಷಯದಲ್ಲಿ ಗಾಜು ಗೆದ್ದಿತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಗಾಜಿಗೆ ಗೀರೇ ಬೀಳದು ಎಂಬ ನಂಬಿಕೆ ಸರಿಯಲ್ಲ. ಮೋಹ್ಸ್ ಗಡಸುತನದ ಪಟ್ಟಿಯಲ್ಲಿ ಗಾಜು ಐದೂವರೆಯಿಂದ ಆರರ ಆಸುಪಾಸಿನಲ್ಲಿದ್ದರೆ, ಮರಳಿನ ಮುಖ್ಯ ಖನಿಜವಾದ ಬೆಣಚು ಏಳರಲ್ಲಿದೆ. ಅಂದರೆ ಕಣದ ಧೂಳಿನಲ್ಲಿರುವ ಮರಳಿನ ಕಣ ಗಾಜನ್ನೂ ಗೀರಬಲ್ಲದು. ಸಿಆರ್-39 ತಾನಾಗಿ ಮೆತ್ತನೆಯದು, ಅದರ ಮೇಲಿನ ಗಡಸು ಲೇಪನ ಕೆಲವೇ ಮೈಕ್ರಾನ್ ದಪ್ಪದ್ದು. ಲೇಪನ ಸಣ್ಣ ಉಜ್ಜಾಟವನ್ನು ತಡೆಯುತ್ತದೆ, ಮರಳಿನ ಕಣ ಒತ್ತಿದರೆ ಕೆಳಗಿನ ಮೆತ್ತನೆಯ ಪದರವೇ ತಗ್ಗಿಬಿಡುವುದರಿಂದ ಸೀಳುತ್ತದೆ. ಕೊಯ್ಲು ಮುಗಿದ ಮೇಲೆ ಎರಡೂ ಲೆನ್ಸುಗಳನ್ನು ಒಂದೇ ಬಲ್ಬಿನ ಕೆಳಗೆ ಓರೆಯಾಗಿ ಹಿಡಿದು ನೋಡಿದೆ. ಫೈಬರಿನಲ್ಲಿ ಬೆರಳು ಒರೆಸುವ ದಿಕ್ಕಿಗೇ ಬಾಗಿದ ನವಿರಾದ ಕಮಾನುಗಳು ಹಲವು ಕಂಡವು. ಗಾಜಿನಲ್ಲಿ ಒಂದೆರಡು ಚಿಕ್ಕ ಗೆರೆಗಳಿದ್ದವು, ಅಷ್ಟೆ. ಆ ಕಮಾನಿನ ಆಕಾರವೇ ಕಾರಣವನ್ನು ಹೇಳುತ್ತದೆ: ಧೂಳು ಬಂದು ಕುಳಿತದ್ದರಿಂದಲ್ಲ, ಕುಳಿತ ಧೂಳನ್ನು ಒಣ ಬಟ್ಟೆಯಿಂದ ಒರೆಸಿದ್ದರಿಂದ ಗೀರು ಬಿದ್ದಿದೆ. ಮೊದಲು ನಲ್ಲಿಯ ಕೆಳಗೆ ಹಿಡಿದು ಧೂಳು ಹರಿದುಹೋಗಲು ಬಿಟ್ಟು, ಒಂದು ಹನಿ ಪಾತ್ರೆ ತೊಳೆಯುವ ದ್ರವವನ್ನು ಬೆರಳಿನಲ್ಲಿ ಸವರಿ ತೊಳೆದು, ಆಮೇಲೆ ಮೆತ್ತನೆಯ ಬಟ್ಟೆಯಲ್ಲಿ ನೀರು ಹೀರಿಸಿದರೆ ಫೈಬರ್ ಬಹಳ ಕಾಲ ಚೆನ್ನಾಗಿರುತ್ತದೆ. ಕೊಳೆರೋಗಕ್ಕೆ ಬೋರ್ಡೋ ಸಿಂಪಡಿಸಿದ ದಿನ ಲೆನ್ಸಿನ ಮೇಲೆ ಒಣಗಿ ಕುಳಿತ ಸುಣ್ಣ ಮತ್ತು ಮೈಲುತುತ್ತಿನ ಚುಕ್ಕೆಗಳನ್ನು ಉಗುರಿನಲ್ಲಿ ಕೆರೆಯದೆ ಹೀಗೆಯೇ ತೊಳೆಯಬೇಕು.

ಫೈಬರಿಗೆ ಗೀರಿಗಿಂತ ಕೆಟ್ಟ ಶತ್ರು ಬಿಸಿ. ಬಿಸಿಲಿನಲ್ಲಿ ನಿಂತ ಜೀಪಿನ ಡ್ಯಾಶ್‌ಬೋರ್ಡಿನ ಮೇಲೋ ಒಲೆಯ ಪಕ್ಕದಲ್ಲೋ ಇಟ್ಟರೆ ಪ್ಲಾಸ್ಟಿಕ್ ಹಿಗ್ಗುತ್ತದೆ, ಮೇಲಿನ ಲೇಪನ ಅಷ್ಟು ಹಿಗ್ಗಲಾರದೆ ಕೂದಲೆಳೆಯ ಬಿರುಕುಗಳಾಗಿ ಒಡೆಯುತ್ತದೆ. ಬೇಸಿಗೆಯ ಕೆರೆಯಂಗಳದಂತೆ ಕಾಣುವ ಆ ಬಲೆಯನ್ನು ಯಾವ ದ್ರವದಿಂದಲೂ ತೆಗೆಯಲು ಬಾರದು.

ತೂಕದ ಲೆಕ್ಕ ಸುಲಭ. ನನ್ನ ಅಳತೆಯ ಲೆನ್ಸು ನಡುವೆ ಎರಡು ಮಿಲಿಮೀಟರ್ ದಪ್ಪವಿದ್ದರೆ ಅಂಚಿನಲ್ಲಿ ಗಾಜು ಸುಮಾರು 4.4, ಸಿಆರ್-39 ಸುಮಾರು 4.5 ಮಿಲಿಮೀಟರ್ ಆಗುತ್ತದೆ. ದಪ್ಪದಲ್ಲಿ ಗಮನಿಸುವಂಥ ವ್ಯತ್ಯಾಸವಿಲ್ಲ. ಆದರೆ ಒಂದು ಘನ ಸೆಂಟಿಮೀಟರ್ ಗಾಜು ಎರಡೂವರೆ ಗ್ರಾಂ ತೂಗಿದರೆ ಸಿಆರ್-39 ತೂಗುವುದು 1.32 ಗ್ರಾಂ. ಹೀಗಾಗಿ ಗಾಜಿನ ಜೋಡಿಗೆ ಸುಮಾರು 32 ಗ್ರಾಂ, ಫೈಬರ್ ಜೋಡಿಗೆ ಸುಮಾರು 17 ಗ್ರಾಂ. ನಡುವೆ ಒಂದೂವರೆ ಮಿಲಿಮೀಟರಿಗೆ ಇಳಿಸಬಹುದಾದ ಪಾಲಿಕಾರ್ಬೊನೇಟ್ 12 ಗ್ರಾಮಿನಲ್ಲಿ ಮುಗಿಯುತ್ತದೆ. ಹದಿನೈದು ಗ್ರಾಂ ಏನು ಮಹಾ ಎಂದು ಮೇಜಿನ ಮುಂದೆ ಕುಳಿತಾಗ ಅನ್ನಿಸುತ್ತದೆ. ಬಗ್ಗಿ ಕಾಫಿ ಬುಡ ನೋಡುವಾಗ, ಅದರಲ್ಲೂ ಮೂಗು ಬೆವೆತಾಗ, ಗಾಜಿನ ಕನ್ನಡಕ ಜಾರಿ ಜಾರಿ ತುದಿಗೆ ಬರುತ್ತದೆ. ಜಾರಿದಷ್ಟೂ ಲೆನ್ಸಿನ ನಡುಬಿಂದು ಕಣ್ಣಿನಿಂದ ಕೆಳಗಿಳಿಯುವುದರಿಂದ ಸ್ಪಷ್ಟತೆಯ ಲಾಭವೂ ಅಲ್ಲಿಯೇ ಸೋರಿಹೋಗುತ್ತದೆ.

ಒಡೆಯುವಿಕೆಯ ವಿಷಯ ಬಂದರೆ ಮಿಕ್ಕ ಅಂಕಗಳೆಲ್ಲ ಹಿಂದೆ ಸರಿಯಬೇಕು. ಅಮೆರಿಕದಲ್ಲಿ 1972ರಿಂದ ಕನ್ನಡಕದ ಲೆನ್ಸುಗಳಿಗೆ ಒಂದು ನಿಯಮವಿದೆ: ಸುಮಾರು 16 ಮಿಲಿಮೀಟರ್ ವ್ಯಾಸದ ಉಕ್ಕಿನ ಗುಂಡನ್ನು 127 ಸೆಂಟಿಮೀಟರ್ ಎತ್ತರದಿಂದ ಬೀಳಿಸಿದರೆ ಲೆನ್ಸು ಒಡೆಯಬಾರದು. ಹದಗೊಳಿಸದ ಸಾಮಾನ್ಯ ಗಾಜು ಇದನ್ನು ನೆಚ್ಚಿಕೊಳ್ಳುವಂತೆ ತಾಳುವುದಿಲ್ಲ. ಅದಕ್ಕೆ ಬಿಸಿಯಿಂದಲೋ ಕಾಯಿಸಿ ಕರಗಿಸಿದ ಲವಣದ ದ್ರವದಲ್ಲಿ ಮುಳುಗಿಸಿಯೋ ಹದ ಕೊಡಬೇಕು. ಹದ ಕೊಟ್ಟ ಮೇಲೆ ಅಂಚು ತೇಯಬಾರದು, ಆಳವಾದ ಗೀರು ಬಿದ್ದ ಗಾಜಿನಲ್ಲಿ ಆ ಬಲವೂ ಉಳಿಯದು. ನಮ್ಮಲ್ಲಿ ಗಾಜು ಬೇಕೆಂದು ಕೇಳಿದರೆ ಹದ ಕೊಟ್ಟದ್ದೇ ಬರುತ್ತದೆಂದು ಭರವಸೆಯಿಲ್ಲ. "ಹದ ಕೊಟ್ಟದ್ದಾ ಅಣ್ಣಾ?" ಎಂದು ನಾನು ಕೇಳಿದಾಗ ಅಂಗಡಿಯವರು, "ಹೋಲ್‌ಸೇಲ್‌ನವರು ಏನು ಕಳಿಸ್ತಾರೋ ಅದೇ ಸಾರ್" ಎಂದರು.

ಬಿಸಿಯಿಂದ ಹದ ಕೊಟ್ಟದ್ದನ್ನು ಮನೆಯಲ್ಲಿಯೇ ಪತ್ತೆ ಮಾಡಬಹುದು. ಎಲ್‌ಸಿಡಿ ಪರದೆಯ ಕಂಪ್ಯೂಟರಿನಲ್ಲಿ ಬಿಳಿ ಪುಟವನ್ನು ತೆರೆದು, ಪೋಲರಾಯ್ಡ್ ತಂಪು ಕನ್ನಡಕದ ಮೂಲಕ ನೋಡುತ್ತ ಅದನ್ನು ನಿಧಾನವಾಗಿ ತಿರುಗಿಸಿ, ಪರದೆ ಕಪ್ಪಾಗುವ ಕಡೆ ನಿಲ್ಲಿಸಬೇಕು. ಈಗ ಗಾಜಿನ ಲೆನ್ಸನ್ನು ನಡುವೆ ಹಿಡಿದರೆ, ಬಿಸಿಯಿಂದ ಹದಗೊಂಡ ಗಾಜಿನಲ್ಲಿ ಬೆಳಕು ಮತ್ತು ನೆರಳಿನ ಶಿಲುಬೆಯಂಥ ಚಿತ್ರ ಮೂಡುತ್ತದೆ; ಸಾದಾ ಗಾಜು ಕಪ್ಪಾಗಿಯೇ ಉಳಿಯುತ್ತದೆ. ಲವಣದ ದ್ರವದಲ್ಲಿ ಹದಗೊಂಡದ್ದು ಇದರಲ್ಲಿ ಕಾಣಿಸುವುದಿಲ್ಲ, ಹಾಗಾಗಿ ಚಿತ್ರ ಮೂಡದಿದ್ದ ಮಾತ್ರಕ್ಕೆ ಹದವಿಲ್ಲ ಎಂದು ತೀರ್ಮಾನಿಸಬಾರದು. ಫ್ರೇಮು ಬಿಗಿಯಾಗಿ ಹಿಂಡುತ್ತಿದ್ದರೂ ಅಂಚಿನಲ್ಲಿ ಬೆಳಕಿನ ಚುಕ್ಕೆಗಳು ಕಾಣುತ್ತವೆ. ಅದನ್ನು ಶಿಲುಬೆ ಎಂದು ತಿಳಿಯಬಾರದು. ನನ್ನ ಜೋಡಿ ಪೂರ್ತಿ ಕಪ್ಪಾಗಿಯೇ ಉಳಿಯಿತು. ಅಲ್ಲಿಂದ ಮುಂದೆ ಅದು ತೋಟಕ್ಕೆ ಬರಲಿಲ್ಲ.

ಕಾರಣ ವೀಡ್ ಕಟರ್. ಅದರ ಅಲಗು ಹುಲ್ಲಿನ ನಡುವಿನ ಜಲ್ಲಿ ಚೂರನ್ನು ಮೊಣಕಾಲಿಗೋ ಮುಖಕ್ಕೋ ಎಸೆಯುವುದು ಇಲ್ಲಿ ಮೆಷಿನ್ ಹಿಡಿದವರೆಲ್ಲರಿಗೂ ಗೊತ್ತು. ಗಾಜು ಒಡೆದರೆ ಹರಿತವಾದ ಚೂರುಗಳು ಹಾರುವುದು ಕಣ್ಣಿನ ಕಡೆಗೇ. ಸಿಆರ್-39 ಗಾಜಿಗಿಂತ ಎಷ್ಟೋ ವಾಸಿ, ಆದರೂ ಬಲವಾದ ಪೆಟ್ಟಿಗೆ ಒಡೆಯುತ್ತದೆ. ಪಾಲಿಕಾರ್ಬೊನೇಟ್ ತಗ್ಗುತ್ತದೆ, ಅದಕ್ಕೆ ಗೀರು ಬೀಳುತ್ತದೆ, ಆದರೆ ಸುಲಭಕ್ಕೆ ಒಡೆಯುವುದಿಲ್ಲ. ಬಣ್ಣದ ಬದಿಗೆರೆಯನ್ನೂ ಬೇಗ ಬೀಳುವ ಗೀರನ್ನೂ ಸಹಿಸಿಕೊಂಡು ನಾನು ಅದನ್ನು ಕೆಲಸಕ್ಕೆ ಇಟ್ಟುಕೊಂಡಿರುವುದು ಈ ಒಂದೇ ಗುಣಕ್ಕಾಗಿ. ಥಿನ್ನರ್ ಅಥವಾ ಅಸಿಟೋನ್ ಮಾತ್ರ ಅದರ ಹತ್ತಿರ ಸುಳಿಯಬಾರದು, ಮೈ ಬೆಳ್ಳಗೆ ಮಂಜಾಗಿ ಹಾಳಾಗುತ್ತದೆ. ಇಷ್ಟಾಗಿಯೂ ಬದಿಯಿಂದ ಬರುವ ಕಲ್ಲನ್ನು ಯಾವ ಮಾಮೂಲಿ ಕನ್ನಡಕವೂ ತಡೆಯುವುದಿಲ್ಲ. ಮೆಷಿನ್ ಹಿಡಿಯುವಾಗ ಮೇಲೊಂದು ಪೂರ್ಣ ಮುಖದ ಜಾಲರಿ ಅಥವಾ ಬದಿ ಮುಚ್ಚಿದ ಸುರಕ್ಷಾ ಕನ್ನಡಕ ಬೇಕೇ ಬೇಕು.

ಮಕ್ಕಳಿಗೆ, ಗಾಡಿ ಓಡಿಸುವವರಿಗೆ, ಒಂದೇ ಕಣ್ಣಿನ ದೃಷ್ಟಿ ಚೆನ್ನಾಗಿರುವವರಿಗೆ ಗಾಜನ್ನು ನಾನು ಹೇಳುವುದಿಲ್ಲ. ಒಂದೇ ಜೊತೆಯಲ್ಲಿ ಎಲ್ಲ ಆಗಬೇಕೆನ್ನುವವರಿಗೆ ಗಡಸು ಲೇಪನ ಮತ್ತು ಪ್ರತಿಫಲನ ತಡೆಯುವ ಲೇಪನ ಎರಡೂ ಇರುವ ಸಿಆರ್-39 ಸಾಕು. ನನ್ನ ಗಾಜಿನ ಜೋಡಿ ಲೆಕ್ಕದ ಪುಸ್ತಕದ ಮೇಜಿನಲ್ಲಿದೆ, ಅಲ್ಲಿ ಅದಕ್ಕೆ ಸಾಟಿಯಿಲ್ಲ. ಗಾಜೇ ಬೇಕೆನ್ನುವವರು ಚಿಕ್ಕ ದುಂಡು ಫ್ರೇಮನ್ನು ಆರಿಸಿ, ಹದ ಕೊಟ್ಟ ಗಾಜು ಎಂದು ಆರ್ಡರ್ ಚೀಟಿಯಲ್ಲಿ ಬರೆಸಿ, ಹಣ ಕೊಡುವ ಮೊದಲು ಪರದೆಯ ಮುಂದೆ ಒಮ್ಮೆ ಹಿಡಿದು ನೋಡುವುದು ಒಳ್ಳೆಯದು.