ಪಾಲಿಗಾನ್‌ಗೆ ಬಣ್ಣ ತುಂಬಲು ನಾಲ್ಕು ದಾರಿ: 2 ಕಿಲೋಬೈಟ್ ಮೆಮೊರಿಯಲ್ಲಿ ಮಾಡಿ ನೋಡಿದ್ದು

ಆರ್ಡುಯಿನೋ ಊನೋ ಬೋರ್ಡಿಗೆ ILI9341 ಚಿಪ್ ಇರುವ ಒಂದು ಪುಟ್ಟ ಬಣ್ಣದ ಪರದೆ ಜೋಡಿಸಿದ್ದೆ. ಅದರ ಮೇಲೆ ಕರ್ನಾಟಕದ ನಕ್ಷೆ ಬರೆದು, ಒಳಗೆ ಬಣ್ಣ ತುಂಬಬೇಕು ಅನ್ನೋದು ಆಸೆ. ನಕ್ಷೆಯ ಗಡಿಯನ್ನು ಸರಳ ಮಾಡಿ 180 ಬಿಂದುಗಳಿಗೆ ಇಳಿಸಿಕೊಂಡೆ, ಅಂದರೆ 180 ಮೂಲೆ, ಅವುಗಳ ನಡುವೆ 180 ನೇರ ಅಂಚು ಇರುವ ಪಾಲಿಗಾನ್. ನಮ್ಮ ರಾಜ್ಯ ಉದ್ದಕ್ಕೆ ಇರೋದರಿಂದ, ಪರದೆಯನ್ನು ನಿಲ್ಲಿಸಿ ಹಿಡಿದರೆ ಸುಮಾರು 160 ಪಿಕ್ಸೆಲ್ ಅಗಲ, 300 ಪಿಕ್ಸೆಲ್ ಎತ್ತರದಲ್ಲಿ ಚೆನ್ನಾಗಿ ಕೂರುತ್ತದೆ.

ಗಡಿ ಬರೆಯೋದು ಸುಲಭ. ಕಷ್ಟ ಇರೋದು ಒಳಗೆ ಬಣ್ಣ ತುಂಬೋದರಲ್ಲಿ. ಪರದೆ 240 ಅಗಲ, 320 ಎತ್ತರ. ಒಂದು ಪಿಕ್ಸೆಲ್‌ಗೆ 2 ಬೈಟ್ ಅಂದರೆ ಇಡೀ ಚಿತ್ರಕ್ಕೆ 1,53,600 ಬೈಟ್ ಬೇಕು. ಊನೋದಲ್ಲಿ ಇರುವ ರ‍್ಯಾಮ್ ಬರೀ 2,048 ಬೈಟ್. ಚಿತ್ರವನ್ನು ಮೆಮೊರಿಯಲ್ಲಿ ಪೂರ್ತಿ ಬರೆದು ಆಮೇಲೆ ಪರದೆಗೆ ಕಳಿಸೋ ಮಾತೇ ಇಲ್ಲ. ಹಾಗಾಗಿ ನಾಲ್ಕು ವಿಧಾನಗಳನ್ನು ಒಂದೊಂದಾಗಿ ಬರೆದು ನೋಡಿದೆ.

ಫ್ಲಡ್ ಫಿಲ್

ಗಡಿಯ ಒಳಗೆ ಒಂದು ಬಿಂದು ಹಿಡಿದು, ಅಲ್ಲಿಂದ ಅಕ್ಕಪಕ್ಕ ಹರಡುತ್ತಾ ಹೋಗೋದು. ಎಲ್ಲರೂ ಮೊದಲು ಕಲಿಯೋದು ಇದನ್ನೇ. ನಾನೂ ಇದರಿಂದಲೇ ಶುರು ಮಾಡಿದೆ. ನಾಲ್ಕು ದಿಕ್ಕಿಗೂ ತನ್ನನ್ನೇ ಕರೆದುಕೊಳ್ಳುವ ಫಂಕ್ಷನ್ ಬರೆದೆ. ಒಂದೊಂದು ಕರೆಗೂ ಸ್ಟ್ಯಾಕ್‌ನಲ್ಲಿ ಹತ್ತು ಬೈಟ್ ಹೋದರೂ, ಇನ್ನೂರು ಕರೆ ಆಗೋಷ್ಟರಲ್ಲಿ ರ‍್ಯಾಮ್ ಮುಗಿಯುತ್ತದೆ. ಒಂದು ಸಣ್ಣ ಹಸಿರು ಪಟ್ಟೆ ಮೂಡಿತು, ಬೋರ್ಡ್ ರೀಸೆಟ್ ಆಯಿತು, ಮತ್ತೆ ಅದೇ ಪಟ್ಟೆ. ಜೊತೆಗೆ ಪ್ರತಿ ಪಿಕ್ಸೆಲ್‌ನ ಬಣ್ಣವನ್ನು ಪರದೆಯಿಂದ ವಾಪಸ್ ಓದಬೇಕು. ಬರೆಯೋದಕ್ಕಿಂತ ಓದೋದು ನಿಧಾನ. ಗಡಿಯಲ್ಲಿ ಒಂದೇ ಒಂದು ಪಿಕ್ಸೆಲ್ ಬಿಟ್ಟುಹೋಗಿದ್ದರೂ ಬಣ್ಣ ಅರಬ್ಬೀ ಸಮುದ್ರಕ್ಕೆ ಸೋರುತ್ತದೆ. ಮೂಲೆಗಳ ಪಟ್ಟಿ ಕೈಯಲ್ಲೇ ಇರುವಾಗ ಈ ದಾರಿ ಬೇಡ.

ಪ್ರತಿ ಪಿಕ್ಸೆಲ್‌ಗೂ ಒಳಗಾ, ಹೊರಗಾ ಅಂತ ಕೇಳೋದು

ಒಂದು ಪಿಕ್ಸೆಲ್‌ನಿಂದ ಬಲಕ್ಕೆ ಗೆರೆ ಎಳೆದು, ಅದು ಎಷ್ಟು ಅಂಚುಗಳನ್ನು ದಾಟುತ್ತದೆ ಅಂತ ಎಣಿಸಿ. ಬೆಸ ಸಂಖ್ಯೆ ಬಂದರೆ ಒಳಗೆ, ಸಮ ಬಂದರೆ ಹೊರಗೆ. ಹತ್ತು ಸಾಲಿನ ಕೋಡ್. ರ‍್ಯಾಮ್ ಖರ್ಚು ಇಲ್ಲವೇ ಇಲ್ಲ ಅನ್ನಬಹುದು. ಆದರೆ ಲೆಕ್ಕ ಹಾಕಿ: 160 × 300 ಅಂದರೆ 48,000 ಪಿಕ್ಸೆಲ್, ಒಂದೊಂದಕ್ಕೂ 180 ಅಂಚು. ಒಟ್ಟು 86,40,000 ಪರೀಕ್ಷೆ. 16 ಮೆಗಾಹರ್ಟ್ಸ್‌ನ ಚಿಪ್‌ಗೆ ಇದು ದೊಡ್ಡ ಹೊರೆ. ನಕ್ಷೆ ಬೀದರ್‌ನಿಂದ ಚಾಮರಾಜನಗರಕ್ಕೆ ಇಳಿಯೋದನ್ನು ಸುಮಾರು ಕಾಲು ನಿಮಿಷ ನೋಡುತ್ತಾ ಕೂರಬೇಕಾಯಿತು.

ಆದರೂ ಈ ಕೋಡನ್ನು ನಾನು ಅಳಿಸಿಲ್ಲ. ಉಳಿದ ವಿಧಾನಗಳು ಸರಿಯಾಗಿ ತುಂಬಿವೆಯಾ ಅಂತ ಲ್ಯಾಪ್‌ಟಾಪಿನಲ್ಲಿ ತಾಳೆ ನೋಡೋಕೆ ಇದಕ್ಕಿಂತ ಒಳ್ಳೆ ಅಳತೆಗೋಲು ನನಗೆ ಸಿಕ್ಕಿಲ್ಲ.

ಸಾಲು ಸಾಲಾಗಿ, ಪ್ರತಿ ಸಾಲಿಗೂ ಎಲ್ಲ ಅಂಚು

ಇಲ್ಲಿ ಪ್ರಶ್ನೆಯೇ ಬದಲಾಗುತ್ತದೆ. ಪಿಕ್ಸೆಲ್ ಬದಲು ಇಡೀ ಸಾಲನ್ನು ತೆಗೆದುಕೊಂಡು, ಈ ಸಾಲನ್ನು ಯಾವ ಅಂಚುಗಳು ಎಲ್ಲಿ ಕತ್ತರಿಸುತ್ತವೆ ಅಂತ ಕೇಳುತ್ತೇವೆ. ಸಿಕ್ಕ x ಬೆಲೆಗಳನ್ನು ಎಡದಿಂದ ಬಲಕ್ಕೆ ಜೋಡಿಸಿ, ಎರಡೆರಡರ ಜೋಡಿ ಮಾಡಿ, ನಡುವೆ ಬಣ್ಣ ಎಳೆಯೋದು. 300 ಸಾಲು, 180 ಅಂಚು. ಪರೀಕ್ಷೆಗಳು 54,000ಕ್ಕೆ ಇಳಿದವು. ಕಾಲು ನಿಮಿಷದ ಕೆಲಸ ಕಣ್ಣು ಮಿಟುಕಿಸೋದರಲ್ಲಿ ಮುಗಿಯಿತು. ನಾಲ್ಕರಲ್ಲಿ ಅತಿ ದೊಡ್ಡ ಜಿಗಿತ ಇದೇ, ಮುಂದಿನದಲ್ಲ. ಇದನ್ನು ಯಾರೂ ಒತ್ತಿ ಹೇಳಲ್ಲ ಅಂತ ನನಗೆ ಅನಿಸುತ್ತದೆ.

ಇದಕ್ಕೆ ಇನ್ನೊಂದು ಅನುಕೂಲ ಇದೆ. ಒಂದು ಸಾಲಿಗೂ ಇನ್ನೊಂದು ಸಾಲಿಗೂ ಸಂಬಂಧ ಇಲ್ಲ. ಪರದೆಯ ನಡುವಿನ ಐವತ್ತು ಸಾಲು ಮಾತ್ರ ಮತ್ತೆ ಬರೆಯಬೇಕಾದರೆ ನೇರವಾಗಿ ಅಲ್ಲಿಂದಲೇ ಶುರು ಮಾಡಬಹುದು. ಇಪ್ಪತ್ತು ಅಂಚಿನ ಒಳಗಿನ ಆಕಾರಗಳಿಗೆ ನಾನು ಈಗಲೂ ಇದನ್ನೇ ಬಳಸುತ್ತೇನೆ.

ಸಾಲು ಸಾಲಾಗಿ, ಚಾಲ್ತಿ ಅಂಚುಗಳು ಮಾತ್ರ

ಕಾರವಾರದ ಸಾಲಿನಲ್ಲಿ ಇರುವಾಗ ಬೀದರ್‌ನ ಅಂಚುಗಳನ್ನು ಯಾಕೆ ಕೇಳಬೇಕು, ಅಲ್ವಾ? ಆಕ್ಟಿವ್ ಎಡ್ಜ್ ಲಿಸ್ಟ್ ಅನ್ನೋದು ಇಷ್ಟೇ: ಈ ಸಾಲನ್ನು ದಾಟುತ್ತಿರುವ ಅಂಚುಗಳ ಪಟ್ಟಿ. ಅಂಚು ಶುರುವಾಗುವ ಸಾಲಿನಲ್ಲಿ ಅದನ್ನು ಪಟ್ಟಿಗೆ ಸೇರಿಸಿ, ಮುಗಿಯುವ ಸಾಲಿನಲ್ಲಿ ತೆಗೆಯಿರಿ. ನಡುವೆ ಭಾಗಾಕಾರ ಬೇಡ. ಒಂದು ಸಾಲು ಇಳಿದಾಗ x ಎಷ್ಟು ಸರಿಯುತ್ತದೆ ಅನ್ನೋದನ್ನು dx ಅಂತ ಒಮ್ಮೆ ಲೆಕ್ಕ ಹಾಕಿಟ್ಟು, ಪ್ರತಿ ಸಾಲಿಗೂ ಅಷ್ಟನ್ನು ಕೂಡಿಸುತ್ತಾ ಹೋದರೆ ಸಾಕು.

```
for (int y = top; y < bottom; y++) {
  while (next < n && startRow(order[next]) == y)
    addEdge(order[next++]);
  dropEnded(y);
  sortByX();
  for (int i = 0; i + 1 < count; i += 2)
    span(y, ceilFx(a[i].x), ceilFx(a[i+1].x) - 1);
  for (int i = 0; i < count; i++)
    a[i].x += a[i].dx;
}
```

ಕೈಯಲ್ಲೇ ಒಂದು ಸಣ್ಣ ಉದಾಹರಣೆ ಮಾಡೋಣ. ಮೂಲೆಗಳು (4,2), (10,2), (12,12), (6,4), (2,12). ಎರಡು ಕಾಲು ಅಗಲಿಸಿ ನಿಂತ ಚಡ್ಡಿಯ ಹಾಗೆ ಇರುವ ಆಕಾರ; y ಕೆಳಗೆ ಹೋದಂತೆ ಹೆಚ್ಚುತ್ತದೆ. ಮೇಲಿನ ಅಂಚು ಅಡ್ಡಕ್ಕೆ ಮಲಗಿದೆ, ಅದನ್ನು ಸುಮ್ನೆ ಬಿಟ್ಟುಬಿಡಿ. ಎಡ ಅಂಚು ಸಾಲಿಗೆ −0.2 ಸರಿಯುತ್ತದೆ, ಬಲ ಅಂಚು +0.2. ನಡುವಿನ ಸೀಳಿನ ಎರಡು ಅಂಚುಗಳು (6,4)ರಲ್ಲಿ ಹುಟ್ಟುತ್ತವೆ: ಒಂದು −0.5, ಇನ್ನೊಂದು +0.75.

2ನೇ ಸಾಲಿನಲ್ಲಿ ಪಟ್ಟಿ: 4, 10. 3ನೇ ಸಾಲಿನಲ್ಲಿ: 3.8, 10.2. 4ನೇ ಸಾಲಿಗೆ ಸೀಳಿನ ಅಂಚುಗಳು ಸೇರಿ 3.6, 6, 6, 10.4 ಆಗುತ್ತದೆ. 5ನೇ ಸಾಲಿನಲ್ಲಿ 3.4, 5.5, 6.75, 10.6. ಎಡ ಬೆಲೆಯನ್ನು ಮೇಲಕ್ಕೆ ಪೂರ್ಣಾಂಕ ಮಾಡಿ, ಬಲ ಬೆಲೆಯನ್ನು ಮೇಲಕ್ಕೆ ಪೂರ್ಣಾಂಕ ಮಾಡಿ ಒಂದು ಕಳೆದರೆ, ತುಂಬಬೇಕಾದ ಪಿಕ್ಸೆಲ್‌ಗಳು 4ರಿಂದ 5 ಮತ್ತು 7ರಿಂದ 10. ಆರನೆಯದು ಖಾಲಿ ಉಳಿಯಿತು. ಸೀಳು ಅಲ್ಲಿ ತೆರೆಯಿತು.

ನನ್ನ ಮೊದಲ ಕೋಡಿನಲ್ಲಿ ಈ ಸೀಳು ತೆರೆಯಲೇ ಇಲ್ಲ. ಅಂಚು ಸೇರಿಸುವಾಗ ಮಾತ್ರ ಪಟ್ಟಿಯನ್ನು x ಕ್ರಮದಲ್ಲಿ ಜೋಡಿಸುತ್ತಿದ್ದೆ. 4ನೇ ಸಾಲಿನಲ್ಲಿ ಎರಡೂ ಅಂಚು 6ರಲ್ಲೇ ಇವೆ, ಹಾಗಾಗಿ ಯಾವುದು ಮುಂದೆ ಬಂದರೂ ಅಲ್ಲಿ ವ್ಯತ್ಯಾಸ ಕಾಣಲ್ಲ. ನನ್ನ ಪಟ್ಟಿಯಲ್ಲಿ +0.75 ಇರೋದು ಮುಂದೆ ಕೂತಿತ್ತು. 5ನೇ ಸಾಲಿಗೆ ಬಂದಾಗ ಪಟ್ಟಿ 3.4, 6.75, 5.5, 10.6. ಜೋಡಿ ಮಾಡಿದರೆ ಎರಡು ತುಂಡೂ ಒಂದರ ಮೇಲೊಂದು ಬಿದ್ದು ಇಡೀ ಸಾಲು ತುಂಬಿತು. ಚಡ್ಡಿ ಲಂಗವಾಯಿತು! ಒಂದು ತಗ್ಗು ಇರಬೇಕಾದ ಕಡೆ ಪೂರ್ತಿ ಬಣ್ಣ ಕಂಡರೆ ಮೊದಲು ಈ ಜೋಡಣೆಯನ್ನೇ ನೋಡಿ. ಪ್ರತಿ ಸಾಲಿಗೂ ಮತ್ತೆ ಜೋಡಿಸಬೇಕು. ಪಟ್ಟಿ ಆಗಲೇ ಬಹುಪಾಲು ಸರಿಯಾಗಿ ಇರೋದರಿಂದ ಇನ್ಸರ್ಷನ್ ಸಾರ್ಟ್‌ಗೆ ಇದು ಏನೂ ಕಷ್ಟವಲ್ಲ.

ಎರಡನೇ ತಪ್ಪು ನಕ್ಷೆಯಲ್ಲಿ ಕಂಡಿತು. ಕೆಲವು ಸಾಲುಗಳಲ್ಲಿ ಬಣ್ಣದ ಗೆರೆ ಗಡಿ ದಾಟಿ ಬಲತುದಿಯವರೆಗೆ ಓಡುತ್ತಿತ್ತು. ಅಂಚು ಶುರುವಾಗುವ ಸಾಲು, ಮುಗಿಯುವ ಸಾಲು ಎರಡನ್ನೂ ಎಣಿಸುತ್ತಿದ್ದೆ. ಒಂದು ಅಂಚು ಮುಗಿದು ಅದೇ ಮೂಲೆಯಿಂದ ಇನ್ನೊಂದು ಕೆಳಗೆ ಹೊರಟರೆ, ಆ ಸಾಲಿನಲ್ಲಿ ಒಂದೇ ಜಾಗವನ್ನು ಎರಡು ಸಲ ಎಣಿಸಿದಂತೆ. ಎರಡು ಇರಬೇಕಾದ ಕಡೆ ಮೂರು ಬಂತು, ಜೋಡಿ ತಪ್ಪಿತು. ಶುರುವಿನ ಸಾಲು ಸೇರಿಸಿ, ಕೊನೆಯ ಸಾಲು ಬಿಡಿ. ಈ ಒಂದು ನಿಯಮದಿಂದ ಗೆರೆಗಳು ಹೋದವು. ಪಿಕ್ಸೆಲ್‌ಗಳ ಎಡ ಬಲಕ್ಕೂ ಇದೇ ನಿಯಮ ಇಟ್ಟುಕೊಂಡರೆ ಇನ್ನೊಂದು ಲಾಭ: ಎರಡು ಜಿಲ್ಲೆಗಳನ್ನು ಬೇರೆ ಬೇರೆ ಬಣ್ಣದಲ್ಲಿ ತುಂಬಿದಾಗ ನಡುವಿನ ಗಡಿಯಲ್ಲಿ ಬಿರುಕೂ ಇರಲ್ಲ, ಒಂದೇ ಪಿಕ್ಸೆಲ್‌ಗೆ ಎರಡು ಸಲ ಬಣ್ಣ ಹಚ್ಚೋದೂ ಇರಲ್ಲ. ಅದಕ್ಕೆ ಎರಡೂ ಜಿಲ್ಲೆಗಳಲ್ಲಿ ಆ ಅಂಚನ್ನು ಮೇಲಿನ ಮೂಲೆಯಿಂದಲೇ ಲೆಕ್ಕ ಹಾಕಿರಬೇಕು.

ಈಗ ಮೆಮೊರಿ. 180 ಅಂಚುಗಳ ಪೂರ್ತಿ ವಿವರವನ್ನು ರ‍್ಯಾಮ್‌ನಲ್ಲಿ ಇಟ್ಟರೆ, ಅಂಚಿಗೆ 12 ಬೈಟ್‌ನಂತೆ 2,160 ಆಗುತ್ತದೆ. ಬೋರ್ಡಿನಲ್ಲಿ ಅಷ್ಟು ಇಲ್ಲವೇ ಇಲ್ಲ. ಅದಕ್ಕೆ ಮೂಲೆಗಳನ್ನು ಫ್ಲಾಶ್ ಮೆಮೊರಿಯಲ್ಲೇ ಬಿಟ್ಟೆ. ರ‍್ಯಾಮ್‌ನಲ್ಲಿ ಇಟ್ಟಿದ್ದು ಅಂಚುಗಳು ಯಾವ ಕ್ರಮದಲ್ಲಿ ಶುರುವಾಗುತ್ತವೆ ಅನ್ನುವ ಪಟ್ಟಿ ಮಾತ್ರ, ಅಂಚಿಗೆ ಒಂದು ಬೈಟ್. ಚಾಲ್ತಿ ಪಟ್ಟಿಗೆ 16 ಜಾಗ, ಒಂದೊಂದಕ್ಕೆ 10 ಬೈಟ್: x ನಾಲ್ಕು, dx ನಾಲ್ಕು, ಕೊನೆಯ ಸಾಲು ಎರಡು. ಎಲ್ಲ ಸೇರಿ 340 ಬೈಟ್. ನಮ್ಮ ಗಡಿಯ ಅಂಕುಡೊಂಕಿನಲ್ಲೂ ಒಂದು ಸಾಲಿಗೆ 16 ಅಂಚು ನನಗೆ ಯಾವತ್ತೂ ಬೇಕಾಗಲಿಲ್ಲ. ಸರಾಸರಿ ನಾಲ್ಕೈದು ಇರುತ್ತವೆ. ಅಂದರೆ 300 ಸಾಲಿಗೆ ಸುಮಾರು 1,500 ಕೂಡುವ ಲೆಕ್ಕ.

ದಶಮಾಂಶಕ್ಕೆ ಫ್ಲೋಟ್ ಬಳಸಲಿಲ್ಲ. 32 ಬಿಟ್ ಸಂಖ್ಯೆಯ ಮೇಲಿನ ಅರ್ಧ ಪೂರ್ಣಾಂಕಕ್ಕೆ, ಕೆಳಗಿನ ಅರ್ಧ ಭಿನ್ನಾಂಶಕ್ಕೆ. 300 ಸಾಲು ಕೂಡಿಸಿದರೂ ತಪ್ಪು 300/65536, ಅಂದರೆ ಪಿಕ್ಸೆಲ್‌ನ ಇನ್ನೂರರಲ್ಲಿ ಒಂದು ಭಾಗಕ್ಕಿಂತ ಕಡಿಮೆ. ಒಂದು ಎಚ್ಚರ: ಊನೋದಲ್ಲಿ `int` ಅಂದರೆ 16 ಬಿಟ್. `(x1 - x0) << 16` ಅಂತ ಬರೆದರೆ ಸಂಖ್ಯೆ ಕೆಟ್ಟುಹೋಗುತ್ತದೆ. `(int32_t)(x1 - x0) * 65536L` ಅಂತ ಬರೆಯಿರಿ.

ಹಾಗಾದರೆ ಮೂರನೆಯದಕ್ಕೂ ನಾಲ್ಕನೆಯದಕ್ಕೂ ಕಣ್ಣಿಗೆ ಕಾಣುವ ವ್ಯತ್ಯಾಸ ಏನು? ಒಂದೇ ಸಲ ಬರೆದರೆ ಹೆಚ್ಚೇನೂ ಇಲ್ಲ. ಮೂರನೆಯದರಲ್ಲಿ ಲೆಕ್ಕಕ್ಕೆ ಸೆಕೆಂಡಿನ ಹತ್ತರಲ್ಲೊಂದು ಭಾಗದಷ್ಟು ಹಿಡಿಯುತ್ತದೆ. ನಾಲ್ಕನೆಯದರಲ್ಲಿ ಲೆಕ್ಕ ಲೆಕ್ಕಕ್ಕೇ ಇಲ್ಲ, ಪರದೆಗೆ ಬಣ್ಣ ಕಳಿಸುವ ಸಮಯ ಮಾತ್ರ ಉಳಿಯುತ್ತದೆ. ನಕ್ಷೆಯನ್ನು ಮತ್ತೆ ಮತ್ತೆ ಬರೆಯುವಾಗ, ಬಟನ್ ಒತ್ತಿ ದೊಡ್ಡದು ಚಿಕ್ಕದು ಮಾಡುವಾಗ ಅದು ಚೆನ್ನಾಗಿ ಗೊತ್ತಾಗುತ್ತದೆ. ಬಿಂದುಗಳು ಸಾವಿರಕ್ಕೆ ಏರಿದರೆ ಇನ್ನೂ ಜಾಸ್ತಿ. ಆದರೆ ದೊಡ್ಡದು ಮಾಡಿದಾಗ ನಕ್ಷೆಯ ತಲೆ ಪರದೆಯ ಮೇಲೆ ಹೊರಗೆ ಹೋಗುತ್ತದೆ. ಆಗ ನಾಲ್ಕನೆಯದಕ್ಕೆ ಒಂದು ಹೆಚ್ಚಿನ ಕೆಲಸ ಇದೆ: ಪರದೆಯ 0ನೇ ಸಾಲಿಗಿಂತ ಮೇಲೆ ಶುರುವಾದ ಅಂಚುಗಳಿಗೆ, ಕಳೆದ ಸಾಲುಗಳಷ್ಟು dx ಮೊದಲೇ ಕೂಡಿಸಿ, 0ನೇ ಸಾಲಿನಲ್ಲಿ ಪಟ್ಟಿಗೆ ಸೇರಿಸಬೇಕು. ಮೂರನೆಯದಕ್ಕೆ ಇದರ ಗೊಡವೆಯೇ ಇಲ್ಲ.

ಎರಡರಲ್ಲೂ ಒಂದೇ ಥರ ಉಳಿಯುವ ಕೊರತೆ ಚೂಪು ತುದಿಗಳದ್ದು. ಮೇಲಿನ ಉದಾಹರಣೆಯ 10ನೇ ಸಾಲು ನೋಡಿ: 2.4, 3.0, 10.5, 11.6. ಬಲಗಾಲಿಗೆ 11ನೇ ಪಿಕ್ಸೆಲ್ ಸಿಕ್ಕಿತು. ಎಡಗಾಲಿಗೆ 3ರಿಂದ 2, ಅಂದರೆ ಏನೂ ಇಲ್ಲ. 11ನೇ ಸಾಲಿನಲ್ಲಿ ಎರಡೂ ಕಾಲು ಮಾಯ. ನಕ್ಷೆಯಲ್ಲೂ ಸಣ್ಣ ಕೊಂಬುಗಳು ಹೀಗೇ ಉದುರಿದ್ದವು. ಬಣ್ಣ ತುಂಬಿದ ಮೇಲೆ ಅದೇ ಬಣ್ಣದಲ್ಲಿ ಗಡಿಯನ್ನೂ ಒಂದು ಸಲ ಎಳೆದೆ, ಕೊಂಬುಗಳು ವಾಪಸ್ ಬಂದವು. ಆದರೆ ಪಕ್ಕದ ಜಿಲ್ಲೆಗಳಿಗೆ ಹಾಗೆ ಮಾಡೋಕಾಗಲ್ಲ, ಒಂದರ ಗಡಿ ಇನ್ನೊಂದರ ಮೇಲೆ ಹತ್ತುತ್ತದೆ. ಅದಕ್ಕೆ ಜಿಲ್ಲೆಗಳನ್ನು ಬರೀ ತುಂಬಿ ಬಿಟ್ಟು, ಕೊನೆಗೆ ಎಲ್ಲ ಗಡಿಗಳನ್ನೂ ಕಪ್ಪು ಗೆರೆಯಲ್ಲಿ ಎಳೆಯುತ್ತಿದ್ದೇನೆ.